ಕೊಕ್ಕರೆಯ ಗಂಟಲಲ್ಲಿದ್ದ ಅರ್ಜಿ

ಒಂದಾನೊಂದು ಕಾಲದಲ್ಲಿ ಹೊಳೆಯ ರಾಜನಿಗೆ ಒಬ್ಬಳು ಹುಡುಗಿ ಓಲೆ ಬರೆದು ಕೊಕ್ಕರೆಯ ಕೈಯಲ್ಲಿ ಕಳಿಸಿದ್ದಳಂತೆ. ಬೀಬಿಯಜ್ಜಿಯ ಈ ಕತೆ ಮುರ್ಶಿದಾಳಿಗೆ ನಾಲ್ಕು ವರ್ಷದವಳಿದ್ದಾಗಿನಿಂದ ಬಾಯಿಪಾಠ. ಓಲೆ ಗಾಳಿಗೆ ಹಾರೀತು, ಮಳೆಗೆ ನೆನೆದೀತು ಎಂದು ಹೆದರಿದ ಕೊಕ್ಕರೆ ಅದನ್ನು ಗಂಟಲೊಳಗೆ ಇಟ್ಟುಕೊಂಡಿತು. ಹೊಳೆಯ ರಾಜ "ಏನು ಸಮಾಚಾರ?" ಎಂದು ಕೇಳಿದರೆ ಬಾಯಿ ತೆರೆಯುವ ಹಾಗಿಲ್ಲ, ತೆರೆದರೆ ಓಲೆ ಬಿದ್ದೀತು. ಹಾಗೆಯೇ ಒಂಟಿ ಕಾಲಲ್ಲಿ ನಿಂತಿತು. ಅಲ್ಲಿಂದ ಮುಂದಿನದ್ದು ಅಜ್ಜಿಯ ಮನಸ್ಸು ಹೇಗಿದೆಯೋ ಹಾಗೆ. ಒಂದು ದಿನ ಏಡಿ ಬಂದು ಕೊಕ್ಕರೆಗೆ ಕಚಗುಳಿ ಇಡುತ್ತಿತ್ತು, ಇನ್ನೊಂದು ದಿನ ಹುಡುಗಿಯೇ ದೋಣಿ ಹತ್ತಿ ಹೊರಡುತ್ತಿದ್ದಳು.

ಈಗ ಮುರ್ಶಿದಾಳಿಗೆ ಇಪ್ಪತ್ತನಾಲ್ಕು. ಬಿ.ಎ. ಆಗಿದೆ, ಬಿ.ಎಡ್. ಆಗಿದೆ. ಶಿರ್ತಾಡಿ ಕಡೆಯ ಒಂದು ಶಾಲೆಯಲ್ಲಿ ಕನ್ನಡ ಶಿಕ್ಷಕಿ ಬೇಕೆಂದು ಪೇಪರಿನಲ್ಲಿ ನೋಡಿ, ಸಿದ್ಧಕಟ್ಟೆಯಿಂದ ಬಸ್ಸು ಹತ್ತಿ, ಮೂಡುಬಿದಿರೆಯಲ್ಲಿ ಇನ್ನೊಂದು ಬಸ್ಸಿಗೆ ಬದಲಾಯಿಸಿ, ತಾನೇ ಹೋಗಿ ಅರ್ಜಿ ಕೊಟ್ಟು ಬಂದಿದ್ದಳು. ಕಚೇರಿಯ ಕಿರಿಯ ಗುಮಾಸ್ತರೊಬ್ಬರು ಅವಳ ಪ್ರತಿಯ ಮೇಲೆ ಸೀಲು ಒತ್ತಿ, "ಒಂದು ವಾರದೊಳಗೆ ಫೋನ್ ಬರ್ತದೆ" ಎಂದಿದ್ದರು.

ಒಂದು ವಾರ ಕಳೆಯಿತು. ಫೋನು ಬಂದದ್ದು ವಿಮೆಯವರದ್ದು, ಸಾಲ ಬೇಕಾ ಎಂದು ಕೇಳುವವರದ್ದು, ಮತ್ತೆ ಮೊಯ್ದೀನ್ ಮಾಮನದ್ದು. ಮಾಮನದ್ದು ಮಾತ್ರ ದಿನಕ್ಕೆ ಹತ್ತು ಸಲ.

ಸಿದ್ಧಕಟ್ಟೆ ಪೇಟೆಯಲ್ಲಿ ಮಾಮನಿಗೆ ಬ್ಯಾಗು ಮತ್ತು ಚಪ್ಪಲಿಯ ಅಂಗಡಿ. ಮೇ ತಿಂಗಳೆಂದರೆ ಅಲ್ಲಿ ಕಾಲಿಡಲು ಜಾಗವಿಲ್ಲ. ತಾಲೂಕಿನ ಮಕ್ಕಳೆಲ್ಲ ಹೊಸ ಬ್ಯಾಗು ಹೆಗಲಿಗೇರಿಸಿಕೊಂಡು ಕನ್ನಡಿಯ ಮುಂದೆ ತಿರುಗಿ ತಿರುಗಿ ನೋಡುವ ಕಾಲ. ಬಿಲ್ಲು ಬರೆಯಲು ಕೂರುವವಳು ಮುರ್ಶಿದಾ. ಎರಡು ವರ್ಷದಿಂದ ಅದೇ ಸ್ಟೂಲು, ಅದೇ ರಬ್ಬರಿನ ವಾಸನೆ. ಮಾಮ ಒಳ್ಳೆಯವನೇ, ಅಂಗಡಿಯೂ ಒಳ್ಳೆಯದೇ. ಆದರೆ ಕಪ್ಪು ಹಲಗೆಯ ಮುಂದೆ ನಿಲ್ಲುವ ಕನಸು ಕಾಣುವವಳಿಗೆ, ಆರನೇ ನಂಬರಿನ ಶೂ ಎಂಟು ವರ್ಷದ ಹುಡುಗನಿಗೆ ಆಗುವುದಿಲ್ಲ ಎಂದು ತಾಯಂದಿರಿಗೆ ಪಾಠ ಮಾಡಿ ತೃಪ್ತಿಯಾದೀತೇ? ಜೂನ್ ಒಂದಕ್ಕೆ ಶಾಲೆ ಶುರು. ಈ ಸಲ ತಪ್ಪಿದರೆ ಮತ್ತೆ ಒಂದು ವರ್ಷ ಸ್ಟೂಲಿನ ಮೇಲೆಯೇ.

"ಒಂದು ಇಮೇಲ್ ಹಾಕಿ ಕೇಳ್ತೇನೆ ಮಾಮ" ಎಂದಳು, ಅಂಗಡಿಯಲ್ಲಿ ಸ್ವಲ್ಪ ಉಸಿರಾಡಲು ಪುರುಸೊತ್ತಾದಾಗ.

"ಬೇಡ ಮೋಳೆ, ನನ್ನ ಮಗಳಲ್ವಾ, ಸುಮ್ಮನಿರು" ಎಂದ ಮಾಮ, ಚಪ್ಪಲಿಯ ಜೋಡಿ ಹುಡುಕುತ್ತ. "ಅಲ್ಲಿ ಆಫೀಸಿನಲ್ಲಿ ಹೆಡ್ ಕ್ಲಾರ್ಕ್ ರುಕ್ಮಯ್ಯ ಇದ್ದಾನೆ. ನನ್ನೊಟ್ಟಿಗೆ ಮೂಡುಬಿದಿರೆಯಲ್ಲಿ ಓದಿದವ. ಫೋನ್ ಮಾಡಿ ಒಂದು ಮಾತು ಹೇಳಿದ್ದೇನೆ."

"ಯಾವ ಮಾತು?"

"ಹೇಳುವ ಮಾತು. ನಿನಗೆ ಯಾಕೆ ಅದು? ಈ ಎಡಗಾಲಿನದ್ದು ಎಲ್ಲಿ ಹೋಯ್ತು ಮಾರಾಯ್ತಿ?"

ಎಡಗಾಲಿನದ್ದು ಅವನ ಕೈಯಲ್ಲೇ ಇತ್ತು. ಅವಳು ತೋರಿಸಿಕೊಟ್ಟಳು. ಮಾತು ಮಾತ್ರ ಯಾವುದೆಂದು ಸಿಕ್ಕಲಿಲ್ಲ.

ರಾತ್ರಿ ಊಟ ಮುಗಿಸಿ ಜಗಲಿಯಲ್ಲಿ ಫೋನ್ ಹಿಡಿದು ಕೂತಳು. ಮಾಮ ಪಕ್ಕದಲ್ಲಿ ಬಂದು ಕೂತ. ಬೇಡವೆಂದವನೇ ಈಗ ಬರೆಸುವ ಉತ್ಸಾಹದಲ್ಲಿದ್ದ.

"ಬರಿ. ಪರಮಪೂಜ್ಯ ಮುಖ್ಯೋಪಾಧ್ಯಾಯಿನಿಯವರ ಪಾದಕಮಲಗಳಿಗೆ."

"ಮಾಮ, ಶಾಲೆಗೆ ಬರೆಯುವುದು, ಮಠಕ್ಕಲ್ಲ."

"ಹಾಗಾದರೆ ನಿನ್ನ ಅಜ್ಜನ ಹೆಸರು ಹಾಕು. ಅವರು ಆ ಕಡೆಗೆಲ್ಲ ಅಕ್ಕಿ ವ್ಯಾಪಾರ ಮಾಡಿದವರು. ಮತ್ತೆ, ನೀವು ಹೇಳಿದ ವಾರ ಮುಗಿಯಿತು, ಇನ್ನೂ ಯಾಕೆ ಹೇಳಲಿಲ್ಲ ಅಂತ ಒಂದು ಹಾಕು. ಮೆಲ್ಲಗೆ ಹಾಕು."

"ಅದನ್ನು ಎಷ್ಟು ಮೆಲ್ಲಗೆ ಹಾಕಿದರೂ ಜಗಳವೇ."

ಒಳಗಿನಿಂದ ಬೀಬಿಯಜ್ಜಿ ಕೇಳಿಸಿಕೊಂಡು, "ಮೊಯ್ದೀನಾ, ಅರ್ಜಿ ಅವಳದ್ದಾ ನಿನ್ನದಾ?" ಎಂದರು. ಮಾಮ ವೀಳ್ಯದೆಲೆ ಹುಡುಕುವ ನೆಪದಲ್ಲಿ ಎದ್ದು ಹೋದ.

ಅವಳು ಮೊದಲು ಬರೆದದ್ದು ಒಂದು ಪುಟ. ಅದರಲ್ಲಿ ಕನ್ನಡದ ಮೇಲಿನ ಪ್ರೀತಿ ಇತ್ತು, ಕೊಕ್ಕರೆ ಇತ್ತು, ಸಂಜೆಯ ಆಕಾಶವೂ ಸ್ವಲ್ಪ ಇತ್ತು. ಓದಿ ನೋಡಿ ತನಗೇ ನಾಚಿಕೆಯಾಯಿತು. ಶಾಲೆ ಶುರುವಾಗುವ ಹೊತ್ತಿಗೆ ಹೆಡ್‌ಮಿಸ್ಟ್ರೆಸ್ಸಿಗೆ ಆಕಾಶ ನೋಡುವ ಪುರುಸೊತ್ತೆಲ್ಲಿ? ಒಂದೊಂದೇ ಅಳಿಸಿದಳು. ಕೊಕ್ಕರೆಯನ್ನು ಅಳಿಸುವಾಗ ಮಾತ್ರ ಸ್ವಲ್ಪ ಕೈ ತಡೆಯಿತು. ಮರುದಿನ ಬೆಳಿಗ್ಗೆ ಕಚೇರಿ ತೆರೆಯುವ ಹೊತ್ತಿಗೆ, ಜಾಹೀರಾತಿನಲ್ಲಿದ್ದ ಹೆಡ್‌ಮಿಸ್ಟ್ರೆಸ್ಸಿನ ಇಮೇಲಿಗೆ ಕಳಿಸಿದ್ದು ಇಷ್ಟು. ವಿಷಯದ ಜಾಗದಲ್ಲಿ "ಕನ್ನಡ ಶಿಕ್ಷಕಿ ಹುದ್ದೆಯ ಅರ್ಜಿ: ಮುರ್ಶಿದಾ, ಸಿದ್ಧಕಟ್ಟೆ". ಕೆಳಗೆ:

"ಮಾನ್ಯರೇ, ಕನ್ನಡ ಶಿಕ್ಷಕಿ ಹುದ್ದೆಗೆ ಮೇ ಐದರಂದು ತಮ್ಮ ಕಚೇರಿಯಲ್ಲಿ ಅರ್ಜಿ ಕೊಟ್ಟಿದ್ದೇನೆ. ಈ ಕೆಲಸದಲ್ಲಿ ನನಗೆ ತುಂಬಾ ಆಸಕ್ತಿ ಇದೆ. ಅರ್ಜಿ ಯಾವ ಹಂತದಲ್ಲಿದೆ ಎಂದು ಅನುಕೂಲವಾದಾಗ ತಿಳಿಸಿದರೆ ಉಪಕಾರ. ಬೇರೆ ದಾಖಲೆ ಬೇಕಿದ್ದರೆ ತಂದುಕೊಡುತ್ತೇನೆ. ವಂದನೆಗಳು."

ಕೊನೆಯಲ್ಲಿ ಹೆಸರು, ಫೋನ್ ನಂಬರು. ಅಷ್ಟೇ.

ಮಧ್ಯಾಹ್ನದ ಮೊದಲೇ ಫೋನು ಬಂತು. ಅವಳು ಒಬ್ಬ ಹುಡುಗಿಯ ಕಾಲಿಗೆ ಶೂ ತೊಡಿಸುತ್ತಿದ್ದಳು.

"ನಾನು ಪೂವಮ್ಮ ಟೀಚರ್, ಹೆಡ್‌ಮಿಸ್ಟ್ರೆಸ್. ನಿಮ್ಮ ಇಮೇಲ್ ನೋಡಿದೆ. ಆದರೆ ಈ ಹೆಸರಿನ ಅರ್ಜಿ ನನ್ನ ಮೇಜಿಗೆ ಬಂದೇ ಇಲ್ಲವಲ್ಲ."

ಮುರ್ಶಿದಾಳ ಕೈಯಲ್ಲಿದ್ದ ಲೇಸು ಗಂಟಾಗಿ ಕೂತಿತು. "ಸೀಲು ಹಾಕಿದ ಪ್ರತಿ ನನ್ನ ಹತ್ತಿರ ಉಂಟು ಟೀಚರ್."

"ಹಾಗಾದರೆ ನಾಳೆ ತನ್ನಿ. ನಾಳೆ ಉಳಿದವರ ಪಾಠದ ಡೆಮೊ ಉಂಟು. ನಿಮ್ಮ ವಿಷಯ ಬಂದ ಮೇಲೆ ನೋಡುವ."

ಮರುದಿನ ಅವಳು ಶಾಲೆಯ ಕಚೇರಿಗೆ ಕಾಲಿಟ್ಟಾಗ ರುಕ್ಮಯ್ಯ ಅವಳ ಹೆಸರು ಕೇಳಿದ್ದೇ ಮುಖ ಅರಳಿಸಿ ಎದ್ದು ನಿಂತರು. ಮೂಗಿನ ತುದಿಯಲ್ಲಿ ಕನ್ನಡಕ, ಉದ್ದನೆಯ ಕುತ್ತಿಗೆ, ಬಿಳಿ ಅಂಗಿ.

"ಓ, ಮೊಯ್ದೀನನ ಸೋದರ ಸೊಸೆ ನೀನೆಯಾ? ಬಾ ಬಾ. ನಿನ್ನದು ಭದ್ರವಾಗಿ ಉಂಟು." ಸೊಂಟದ ಕೀ ತೆಗೆದು ಬೇರೆಯೇ ಒಂದು ಡ್ರಾಯರ್ ತೆರೆದರು. ಪ್ಲಾಸ್ಟಿಕ್ ಕವರಿನೊಳಗೆ ಅವಳ ಅರ್ಜಿ, ಒಂದು ಮಡಿಕೆ ಬೀಳದ ಹಾಗೆ. "ಎಲ್ಲರದ್ದರ ಜೊತೆ ಸೇರಿಸ್ಬೇಡ, ಬೇರೆ ಇಡು, ನಾನೇ ಬಂದು ಮೇಡಂ ಹತ್ರ ಮಾತಾಡಿ ಕೊಡಿಸ್ತೇನೆ ಅಂತ ಅವರು ಹೇಳಿದ್ದಲ್ವಾ? ದಿನಾ ಕಾಯ್ತಾ ಇದ್ದೇನೆ. ಮೊಯ್ದೀನ್ ಬರಲೇ ಇಲ್ಲ."

ಬರುವುದು ಹೇಗೆ? ಬ್ಯಾಗಿನ ಸೀಸನ್ನು. ಮುರ್ಶಿದಾ ಆ ಉದ್ದನೆಯ ಕುತ್ತಿಗೆಯನ್ನೇ ನೋಡಿದಳು. ಕೊಕ್ಕರೆ, ಒಂಟಿ ಕಾಲು, ಓಲೆ ಎಲ್ಲ ನೆನಪಾಗಿ, ಅಳು ಬರಬೇಕಾದ ಜಾಗದಲ್ಲಿ ನಗು ಉಕ್ಕಿತು. ಕೆನ್ನೆಯ ಒಳಗೆ ಕಚ್ಚಿ ಹಿಡಿದಳು.

ಬಾಗಿಲಲ್ಲಿ ಪೂವಮ್ಮ ಟೀಚರ್ ನಿಂತಿದ್ದರು. ಅವರಿಗೆ ನಗು ಬಂದಿರಲಿಲ್ಲ.

"ರುಕ್ಮಯ್ಯನವರೇ, ಇದೇನು?"

ರುಕ್ಮಯ್ಯನ ಕುತ್ತಿಗೆ ಅಂಗಿಯೊಳಗೆ ಇಳಿಯಿತು. ಟೀಚರ್ ಮುರ್ಶಿದಾಳ ಕಡೆ ತಿರುಗಿದರು. "ಹೇಳಿಸಿದ್ದು ನೀವಾ?"

ಅವಳಿಗೆ ನನಗೇನೂ ಗೊತ್ತಿಲ್ಲ ಎಂದು ಕೈ ತೊಳೆದುಕೊಳ್ಳಬಹುದಿತ್ತು. ಆಗ ತಪ್ಪೆಲ್ಲ ಈ ಬಿಳಿ ಅಂಗಿಯ ಮೇಲೆ ಬೀಳುತ್ತಿತ್ತು.

"ನನ್ನ ಮಾಮ ಹೇಳಿದ್ದು ಟೀಚರ್. ಯಾರೋ ಹೇಳಿದರೇ ಕೆಲಸ ಆಗುವುದು ಅಂತ ಅವರ ನಂಬಿಕೆ. ಇವರು ಸ್ನೇಹಿತನ ಮಾತು ಉಳಿಸಿದ್ದು, ಅಷ್ಟೇ. ಮಾಮ ಒಂದು ಮಾತು ಹೇಳಿದ್ದಾರೆ ಅಂತ ಗೊತ್ತಿತ್ತು, ಯಾವ ಮಾತು ಅಂತ ಗೊತ್ತಿರಲಿಲ್ಲ. ಗೊತ್ತಿದ್ದರೆ ಬೇಡ ಅಂತಿದ್ದೆ."

ಟೀಚರ್ ಅರ್ಜಿಯನ್ನು ಕವರಿನಿಂದ ತೆಗೆದು ಅಲ್ಲೇ ನಿಂತು ಓದಿದರು. ಹೊರಗೆ ಯಾರೋ ಬೆಂಚು ಎಳೆಯುವ ಸದ್ದು.

"ಶಿಫಾರಸು ಬಂದದ್ದನ್ನು ನಾನು ಎಲ್ಲಕ್ಕಿಂತ ಅಡಿಗೆ ಹಾಕುವುದು" ಎಂದರು. "ನಿನ್ನೆ ನಾಲ್ಕು ಸಾಲಲ್ಲಿ ಬಂದ ಇಮೇಲನ್ನು ಮೇಲೆ ಇಟ್ಟೆ. ಈಗ ಎರಡೂ ನಿಮ್ಮದೇ ಅಂತಾಯ್ತು. ಏನು ಮಾಡುವ?"

ಮುರ್ಶಿದಾ ಸೀಲು ಹಾಕಿದ ಪ್ರತಿಯನ್ನು ಮೇಜಿನ ಮೇಲಿಟ್ಟಳು. ಹೇಳಲು ಬಾಯಿ ತೆರೆದರೆ ನಾಲ್ಕು ಸಾಲು ಹತ್ತು ಸಾಲಾಗುತ್ತದೆ ಎಂದು ಅವಳಿಗೆ ಗೊತ್ತಿತ್ತು.

"ನಡುವಲ್ಲಿ ಇಡುವ" ಎಂದರು ಟೀಚರ್ ಕೊನೆಗೆ. "ಉಳಿದವರದ್ದು ಮುಗಿದ ಮೇಲೆ ನೀವೂ ಒಂದು ಪಾಠ ಮಾಡಿ. ತಯಾರಿಗೆ ಹೊತ್ತಿಲ್ಲ, ಬೇಕಾದ ವಿಷಯ ತಗೊಳ್ಳಿ."

ರಜೆಯ ಶಾಲೆಯಲ್ಲಿ ಮಕ್ಕಳೆಲ್ಲಿ? ಟೀಚರುಗಳೇ ಮೊಣಕಾಲು ಎದೆಗೆ ತಾಗಿಸಿಕೊಂಡು ಐದನೆಯ ಕ್ಲಾಸಿನ ಪುಟ್ಟ ಬೆಂಚುಗಳಲ್ಲಿ ಕೂತರು. ಹಿಂದಿನ ಬೆಂಚಿನಲ್ಲಿ, ಯಾರೂ ಕರೆಯದೆ, ರುಕ್ಮಯ್ಯ. ಮುರ್ಶಿದಾ ಹಲಗೆಯ ಮೇಲೆ "ಓಲೆ" ಎಂದು ಬರೆದು, ಕೊಕ್ಕರೆಯ ಕತೆ ಹೇಳಿದಳು. ಕೊಕ್ಕರೆ ಬಾಯಿ ಬಿಡದೆ ನಿಂತಲ್ಲಿಗೆ ನಿಲ್ಲಿಸಿ, "ಈಗ ಹುಡುಗಿ ಏನು ಬರೆದು ಕೇಳಬೇಕು? ಎರಡೇ ವಾಕ್ಯ. ಜಗಳ ಮಾಡಬಾರದು" ಎಂದು ಸೀಮೆಸುಣ್ಣ ಚಾಚಿದಳು. ಗಣಿತದ ಟೀಚರ್ ಬರೆದದ್ದು ಐದು ವಾಕ್ಯವಾಯಿತು. ಎಲ್ಲರೂ ಸೇರಿ ಅಳಿಸಿ ಅಳಿಸಿ ಎರಡಕ್ಕೆ ಇಳಿಸಿದರು. ಹಿಂದಿನ ಬೆಂಚಿನವರು ಮಾತ್ರ ತಲೆ ತಗ್ಗಿಸಿ ಸಣ್ಣಗೆ ನಗುತ್ತಿದ್ದರು.

"ಒಂದು ವಾರದೊಳಗೆ ತಿಳಿಸ್ತೇವೆ" ಎಂದರು ಪೂವಮ್ಮ ಟೀಚರ್, ಬೀಳ್ಕೊಡುವಾಗ.

ಮನೆಗೆ ಬಂದು ನಡೆದದ್ದನ್ನು ಹೇಳಿದಳು. ಮಾಮನ ಮುಖ ಹಳೇ ಸ್ಟಾಕಿನ ಚಪ್ಪಲಿಯಂತೆ ಬಾಡಿತು. ಆದರೂ ಫೋನಿಗೆ ಕೈ ಹಾಕಿದ. "ಹಾಗಾದರೆ ರುಕ್ಮಯ್ಯನಿಗೆ ಸುಮ್ಮನೆ ಒಂದು ಮಾತು..."

ಬೀಬಿಯಜ್ಜಿ ಫೋನನ್ನು ತೆಗೆದು ತಮ್ಮ ತಲೆದಿಂಬಿನ ಅಡಿಗೆ ಹಾಕಿದರು. ಬೆಳಿಗ್ಗೆ ಮಾತ್ರ ವಾಪಸು ಸಿಕ್ಕಿತು.

ಆ ವಾರವಿಡೀ ಮಾಮ ಆ ಮಾತೆತ್ತಲಿಲ್ಲ. ಕೇಳಬೇಕೆಂದು ಬಾಯಿಯವರೆಗೆ ಬಂದದ್ದನ್ನು ಕೆಮ್ಮಿ ನುಂಗುತ್ತಿದ್ದ. ಗಿರಾಕಿಗಳು ಬಿಸಿನೀರು ಕುಡಿಯಲು ಹೇಳುತ್ತಿದ್ದರು. ಕೊನೆಯ ದಿನ ಅವನು ಗೋದಾಮಿನಲ್ಲಿ ಬ್ಯಾಗು ಇಳಿಸುತ್ತಿದ್ದಾಗ ಕೌಂಟರಿನಲ್ಲಿದ್ದ ಮುರ್ಶಿದಾಳಿಗೆ ಫೋನು ಬಂತು. ಮಾತು ಮುಗಿಸಿ ಅವಳು ಸ್ಟೂಲಿನ ಮೇಲೆ ಹಾಗೆಯೇ ಕೂತಳು. ರಬ್ಬರಿನ ವಾಸನೆ ಕೂಡ ಆಗ ಚಂದವೆನಿಸಿತು. ಎದ್ದು ಹೋಗಿ ಹೇಳಬೇಕು ಎನ್ನುವಷ್ಟರಲ್ಲಿ ಒಂದು ಮೆಸೇಜು ಟಿಂಗೆಂದಿತು. ಗೋದಾಮಿನಿಂದ, ಇಪ್ಪತ್ತು ಹೆಜ್ಜೆ ಆಚೆಯಿಂದ.

"ಮಾನ್ಯ ಮುರ್ಶಿದಾ, ತಮ್ಮ ಕೆಲಸದ ವಿಷಯ ಯಾವ ಹಂತದಲ್ಲಿದೆ ಎಂದು ಅನುಕೂಲವಾದಾಗ ತಿಳಿಸಿದರೆ ಉಪಕಾರ. ವಂದನೆಗಳು. ಮೊಯ್ದೀನ್, ಚಪ್ಪಲಿ ಅಂಗಡಿ."

ಅವಳು ಉತ್ತರ ಬರೆದಳು. "ಮಾನ್ಯರೇ, ಜೂನ್ ಒಂದಕ್ಕೆ ಬರಲು ಹೇಳಿದ್ದಾರೆ. ಆರನೇ ನಂಬರಿನ ಕಪ್ಪು ಚಪ್ಪಲಿ ಒಂದು ಜೊತೆ ಬೇಕಾಗಿದೆ."

ಗೋದಾಮಿನಲ್ಲಿ ಬ್ಯಾಗುಗಳ ರಾಶಿ ಧೊಪ್ಪನೆ ಬಿದ್ದ ಸದ್ದು ಕೇಳಿಸಿತು.