ಟೋಕನ್ ಹನ್ನೊಂದರ ಕಲ್ಲು

ನನ್ನ ಗಂಡ ನನ್ನ ಆಫೀಸಿಗೆ ಬಂದು, ಸಾಲಿನಲ್ಲಿ ನಿಂತು, ಟೋಕನ್ ತೆಗೆದುಕೊಂಡು, ನಾನು ಯಾರೋ ಎಂಬಂತೆ "ನಮಸ್ಕಾರ ಮೇಡಂ" ಎಂದಾಗಲೇ ನನಗೆ ಗೊತ್ತಾಯಿತು, ಆ ದಿನ ನೆಟ್ಟಗೆ ಕಳೆಯುವುದಿಲ್ಲ ಎಂದು. ಟೋಕನ್ ಸಂಖ್ಯೆ ಹನ್ನೊಂದು. ಕಂಕುಳಲ್ಲಿ ಹಳೇ ಟವೆಲಿನ ಗಂಟು. ಗಂಟಿನೊಳಗೆ ನನ್ನ ಸವತಿ.

ನಮ್ಮದು ವಸ್ತುಸಂಗ್ರಹಾಲಯದ ಕಲ್ಲುಗಳ ವಿಭಾಗ. ಗುರುವಾರ ಬೆಳಿಗ್ಗೆ ಯಾರು ಬೇಕಾದರೂ ತಮಗೆ ಸಿಕ್ಕಿದ ಕಲ್ಲು ತಂದು ತೋರಿಸಬಹುದು, ನಾವು ಏನೆಂದು ಹೇಳುತ್ತೇವೆ. ಬರುವವರೆಲ್ಲರ ಕೈಯಲ್ಲೂ ಉಲ್ಕೆ, ವಜ್ರ ಅಥವಾ ಡೈನೋಸಾರಿನ ಮೊಟ್ಟೆ. ಹೋಗುವಾಗ ಎಲ್ಲರ ಕೈಯಲ್ಲೂ ಬರೀ ಕಲ್ಲು. ಇಪ್ಪತ್ತಾರು ವರ್ಷದಿಂದ ಈ ಮೇಜಿನ ಹಿಂದೆ ಕೂತು ನಾನು ಮುರಿದಷ್ಟು ಮನಸ್ಸುಗಳನ್ನು ಯಾವ ಸಿನಿಮಾ ನಟಿಯೂ ಮುರಿದಿರಲಿಕ್ಕಿಲ್ಲ.

ಆ ಸಾಲಿನಲ್ಲಿ ಮೊದಮೊದಲು ಬಂದವರಲ್ಲಿ ಇವರೂ ಒಬ್ಬರು. ಬೀಗ ರಿಪೇರಿ, ಕೀಲಿ ಮಾಡುವ ಅಂಗಡಿ ಇವರದು. ಯಾವುದೋ ಕಟ್ಟಡದ ಮುಂದಿನ ಜಲ್ಲಿ ರಾಶಿಯಲ್ಲಿ ಸುರುಳಿಯಂಥ ಗೆರೆಗಳಿದ್ದ, ಅಂಗೈಯಗಲದ ಕಲ್ಲೊಂದನ್ನು ಹೆಕ್ಕಿ ತಂದಿದ್ದರು. "ಇದು ಅಮೋನೈಟ್ ಅಲ್ವಾ ಮೇಡಂ? ಪುಸ್ತಕದಲ್ಲಿ ನೋಡಿದೀನಿ. ಕೋಟಿಗಟ್ಟಲೆ ವರ್ಷದ ಹಿಂದೆ ಸಮುದ್ರದಲ್ಲಿತ್ತಂತಲ್ಲ, ಸುರುಳಿ ಚಿಪ್ಪಿನ ಪ್ರಾಣಿ?" ನಾನು ಕೆಲಸಕ್ಕೆ ಸೇರಿ ಮೂರು ತಿಂಗಳಾಗಿತ್ತು, ಹಿಂದೆ ನಲವತ್ತು ಜನ ಕಾಯುತ್ತಿದ್ದರು. ಒಂದು ಮಗ್ಗುಲು ನೋಡಿ ಹೇಳಿಬಿಟ್ಟೆ: "ಅಲ್ಲ. ಕಲ್ಲಿನೊಳಗೆ ಕಬ್ಬಿಣದಂಶ ಪದರಪದರವಾಗಿ ಕೂತಿದೆ. ಮೆತ್ತಗಿನ ಪದರ ಸವೆದು ಗಟ್ಟಿ ಪದರ ಉಬ್ಬಿದೆ. ತಾನಾಗಿ ಆಗಿದ್ದು. ಮುಂದಿನವರು!"

ಅವರು ಮುಂದಿನ ಗುರುವಾರವೂ ಬಂದರು, ಬೇರೆ ಕಲ್ಲಿನೊಡನೆ. ಅದರ ಮುಂದಿನ ಗುರುವಾರವೂ. ಏಳನೆಯ ಗುರುವಾರ ಕಲ್ಲೇ ಇಲ್ಲದೆ ಬಂದರು. ಮದುವೆಯಾಯಿತು. ಆದರೆ ಆ ಮೊದಲ ಕಲ್ಲಿನ ವಿಷಯದಲ್ಲಿ ಮಾತ್ರ ತಾವು ಹಿಡಿದ ಮೊಲಕ್ಕೆ ಮೂರೇ ಕಾಲು. ನಡುಮನೆಯ ಶೋಕೇಸಿನಲ್ಲಿ, ವೆಲ್ವೆಟ್ ಬಟ್ಟೆಯ ಮೇಲೆ ಅದನ್ನಿಟ್ಟು, ಬಂದವರಿಗೆಲ್ಲ ಒಂದೇ ಪರಿಚಯ: "ಇದು ಅಮೋನೈಟ್. ನಮ್ಮನೆಯವಳು ಒಪ್ಪಲ್ಲ, ಅಷ್ಟೇ." ಕಲ್ಲು ಗುರುತಿಸುವುದೇ ಕಸುಬಾದ ಹೆಂಗಸಿನ ಮನೆಯಲ್ಲಿ ಹೀಗೆಂದರೆ ನೆಂಟರ ಮುಂದೆ ನನ್ನ ಮಾನ ಏನಾಗಬೇಕು?

ಭಾನುವಾರ ನಾವು ಮನೆ ಬದಲಾಯಿಸುವುದಿತ್ತು. ಹೊಸ ಮನೆ ಚಿಕ್ಕದು. ನಾನು ಖಡಾಖಂಡಿತವಾಗಿ ಹೇಳಿದ್ದೆ: "ಆ ಕಲ್ಲು ಬರಲ್ಲ." ಮೂರು ದಿನ ಮಾತು ಬಿಟ್ಟರು. ನಾಲ್ಕನೆಯ ದಿನ ರಾಜಿಯಾಯಿತು. ಕಲ್ಲನ್ನು ನನ್ನ ಮೇಜಿಗೇ ತರುವುದು, ಆದರೆ ಬೇರೆಯವರು ನೋಡುವುದು. ಅಲ್ಲ ಎಂದರೆ ಅವರೇ ಸ್ವಂತ ಕೈಯಿಂದ ಅದನ್ನು ಕಸದ ಲಾರಿಗೆ ಹಾಕಬೇಕು. ಹೌದು ಎಂದರೆ ಹೊಸ ಮನೆಯ ಶೋಕೇಸಿನಲ್ಲಿ ಅದಕ್ಕೇ ಮೊದಲ ಜಾಗ. ಹೇಗೂ ನಮ್ಮ ಮನೆಯವರ ವಸ್ತುವನ್ನು ನಾವೇ ಗುರುತಿಸಕೂಡದು ಎಂಬ ನಿಯಮ ನಮ್ಮಲ್ಲಿದೆ. ಹಾಗಾಗಿ ಟೋಕನ್ ಹನ್ನೊಂದು ನನ್ನ ಪಕ್ಕದ ಕುರ್ಚಿಯ ಚಿಕ್ಕ ಮೇಡಂ ಪಾಲಿಗೆ ಬಂತು.

ಚಿಕ್ಕ ಮೇಡಂ ಬಂದು ಹತ್ತು ತಿಂಗಳು. ಕೆಲಸ ಅಚ್ಚುಕಟ್ಟು, ಬಾಯಿ ಮೆತ್ತಗೆ. ಟವೆಲು ಬಿಚ್ಚಿದ ಮೇಲೆ ಅವಳ ಮುಖ ನೋಡಬೇಕಿತ್ತು. ಅತ್ತ ದರಿ, ಇತ್ತ ಪುಲಿ. ಹೌದು ಎಂದರೆ ಮೇಲಧಿಕಾರಿ ತಪ್ಪು, ಅಲ್ಲ ಎಂದರೆ ಮೇಲಧಿಕಾರಿಯ ಗಂಡ ತಪ್ಪು.

"ಮೇಡಂ, ಇದನ್ನ ಮುಂದಿನ ವಾರ..."

"ಇವತ್ತೇ ನೋಡಮ್ಮ," ಎಂದೆ. "ನನ್ನ ಮುಖ ನೋಡ್ಬೇಡ, ಕಲ್ಲು ನೋಡು."

ಅವಳು ಸೂಜಿ ತೆಗೆದುಕೊಂಡಳು. ಹೊರಗಿನ ಗೆರೆಯ ತಗ್ಗಿನಲ್ಲಿ ಸೂಜಿಯ ಮೊನೆ ಇಟ್ಟು ನಿಧಾನವಾಗಿ ಎಳೆದುಕೊಂಡು ಹೋದಳು. ಇದು ಸುಲಭದ ಪರೀಕ್ಷೆ. ಪದರಗಳಿಂದಾದ ಬಳೆಗಳಾದರೆ ಸೂಜಿ ಒಂದು ಸುತ್ತು ಹಾಕಿ ಹೊರಟಲ್ಲಿಗೇ ಬರುತ್ತದೆ. ನಿಜವಾದ ಸುರುಳಿಯಾದರೆ ಒಳಗೊಳಗೆ ಇಳಿಯುತ್ತದೆ. ಒಂದು ಸುತ್ತಾಯಿತು. ಸೂಜಿ ಹೊರಟಲ್ಲಿಗೆ ಬರಲಿಲ್ಲ, ಅದರ ಒಳಗಡೆ ಬಂದಿತ್ತು. ಎರಡನೆಯ ಸುತ್ತು. ಮೂರನೆಯದರ ಅರ್ಧದಲ್ಲಿ ನಡುವಿನ ಗುಳಿಗೆ ಬಂದು ನಿಂತಿತು.

ಇಪ್ಪತ್ತಾರು ವರ್ಷದ ಹಿಂದೆ ನಾನು ಸೂಜಿ ಹಿಡಿದಿರಲೇ ಇಲ್ಲ.

"ಒಳಗಿಂದ ಹೊರಗೆ ಸುತ್ತಿಂದ ಸುತ್ತಿಗೆ ಅಗಲವೂ ಹೆಚ್ತಾ ಹೋಗಿದೆ," ಎಂದಳು ಚಿಕ್ಕ ಮೇಡಂ ಮೆಲ್ಲಗೆ.

"ಹೆಚ್ಚುತ್ತೆ, ಹೆಚ್ಚುತ್ತೆ!" ಎಂದರು ನಮ್ಮವರು. ಸಾಲಿನಲ್ಲಿದ್ದವರೂ ಕತ್ತು ಚಾಚಿದರು.

ಆಮೇಲೆ ಅವಳು ಟಾರ್ಚನ್ನು ಮೇಜಿಗೆ ಮಲಗಿಸಿ ಬೆಳಕನ್ನು ಕಲ್ಲಿನ ಮೇಲೆ ಅಡ್ಡಡ್ಡ ಬಿಟ್ಟಳು. ಹೀಗೆ ಮಾಡಿದರೆ ಸಣ್ಣ ಉಬ್ಬಿಗೂ ನೆರಳು ಬೀಳುತ್ತದೆ. ನಡುವಿನಿಂದ ಅಂಚಿನ ಕಡೆಗೆ ಸಾಲಾಗಿ ಏಣುಗಳು, ಅಂದರೆ ಉಬ್ಬು ಗೆರೆಗಳು, ಎದ್ದು ಕಂಡವು, ಅಮೋನೈಟಿಗೆ ಇರಬೇಕಾದಂತೆಯೇ. ನಮ್ಮವರು ಮೀಸೆ ತಿರುವಿದರು. ಚಿಕ್ಕ ಮೇಡಂ ಮಾತ್ರ ಮಸೂರ ಹಿಡಿದು ಬಗ್ಗಿದವಳು ಏಳಲೇ ಇಲ್ಲ.

"ಏಣುಗಳು... ತುಂಬಾ ಚೆನ್ನಾಗಿವೆ," ಎಂದಳು ಕೊನೆಗೆ.

"ಅಲ್ವೇ!"

"ಅಲ್ಲ ಸರ್, ಅತಿಯಾಗಿ ಚೆನ್ನಾಗಿವೆ. ಎಲ್ಲಾ ನೇರ. ಎಲ್ಲಾ ಒಂದೇ ಆಳ. ಎರಡರ ಮಧ್ಯೆ ಒಂದೇ ಅಳತೆ. ಪ್ರಾಣಿ ಬೆಳೀತಾ ಹೋದ ಹಾಗೆ ಈ ಅಂತರ ಬದಲಾಗ್ಬೇಕು. ಏಣು ಸ್ವಲ್ಪ ಬಾಗಿರ್ಬೇಕು. ಅಂಚು ದಾಟಿ ಆ ಕಡೆಗೂ ಹೋಗ್ಬೇಕು. ಇವು ಅಂಚಿಗೆ ಬಂದು ಗಕ್ಕನೆ ನಿಂತಿವೆ. ಜೊತೆಗೆ ತಗ್ಗಿನ ಒಳಗೆಲ್ಲ ಒಂದೇ ದಿಕ್ಕಿನ ಗೀರುಗಳು."

ನಾನು ಮಸೂರ ಕಿತ್ತುಕೊಂಡೆ. ನಿಯಮ ಗಿಯಮ ಹಾಳಾಗಲಿ. ಇಂಗ್ಲಿಷಿನ ವಿ ಅಕ್ಷರದಂಥ ತಗ್ಗು, ತಳದಲ್ಲಿ ನವಿರು ಗೀರು. ಈ ಕೈ ನನಗೆ ಚೆನ್ನಾಗಿ ಪರಿಚಯ. ಇವರೇ ಮಾಡಿಕೊಟ್ಟ ನನ್ನ ಬೀರುವಿನ ಕೀಲಿಯ ಹಲ್ಲುಗಳೂ ಹೀಗೇ ಇವೆ.

"ರೀ," ಎಂದೆ. "ಅರ ಹಾಕಿದೀರಾ?"

ನಮ್ಮವರ ಮುಖ ಇಂಗು ತಿಂದ ಮಂಗನಂತಾಯಿತು. ಸಾಲಿನಲ್ಲಿದ್ದ ಟೋಕನ್ ಹದಿಮೂರರ ಅಜ್ಜಿ, "ಅಯ್ಯೋ ಪಾಪಿ," ಎಂದು ಬಾಯಿಯ ಮೇಲೆ ಕೈ ಇಟ್ಟುಕೊಂಡಳು.

"ಮದುವೆಯಾದ ವರ್ಷ," ಎಂದರು ನೆಲ ನೋಡುತ್ತ. "ಸವೆದು ಹೋಗಿತ್ತು. ನಿನಗೆ ಕಾಣ್ಲಿಲ್ಲವಲ್ಲ, ಸ್ವಲ್ಪ ಎದ್ದು ಕಾಣೋ ಹಾಗೆ ಮಾಡಿದ್ರೆ ಒಪ್ಕೋತೀಯ ಅಂತ... ಪುಸ್ತಕದ ಚಿತ್ರ ನೋಡ್ಕೊಂಡು ಕೀಲಿ ಉಜ್ಜೋ ಸಣ್ಣ ಅರದಲ್ಲಿ ಮಾಡಿದೆ. ನೀನು ನೋಡ್ಲೇ ಇಲ್ಲ."

ಗಣಪನನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡುವುದೆಂದರೆ ಇದೇ. ನನಗೆ ಸಿಟ್ಟು ಬಂತು. ಸಿಟ್ಟಿನ ಹಿಂದೆಯೇ ನಾಚಿಕೆಯೂ ಬಂತು. ಇಪ್ಪತ್ತೈದು ವರ್ಷ ನನ್ನದೇ ನಡುಮನೆಯಲ್ಲಿ, ಅರದ ಗುರುತು ಹೊತ್ತುಕೊಂಡು ಕೂತ ಕಲ್ಲನ್ನು ನಾನು ಒಮ್ಮೆಯೂ ಕೈಗೆತ್ತಿಕೊಂಡು ನೋಡಿರಲಿಲ್ಲ. ಧೂಳು ಹೊಡೆಯುವಾಗಲೂ ಬಟ್ಟೆಯನ್ನು ಸುತ್ತ ಆಡಿಸಿ ಬಿಡುತ್ತಿದ್ದೆ.

"ಹಾಗಾದ್ರೆ ಮುಗೀತು," ಎಂದು ಅವರು ಟವೆಲು ಮಡಚತೊಡಗಿದರು. "ಕಸದ ಲಾರಿ ಎಷ್ಟು ಗಂಟೆಗೆ ಬರುತ್ತೆ?"

ಮಡಿಕೆ ಸರಿಬರದೆ ಎರಡು ಸಲ ಬಿಚ್ಚಿ ಮಡಚಿದರು. ನನಗೆ ತಡೆಯಲಾಗಲಿಲ್ಲ.

"ಕೂತ್ಕೊಳ್ಳಿ," ಎಂದೆ. "ನೀವು ಅರ ಹಾಕಿದ ಮಾತ್ರಕ್ಕೆ ಅದು ಅಮೋನೈಟ್ ಆಗಲ್ಲ. ಆದ್ರೆ ಅಷ್ಟಕ್ಕೇ ಅಮೋನೈಟ್ ಅಲ್ಲ ಅಂತಲೂ ಆಗಲ್ಲ. ಹಿಂದಿನ ಮಗ್ಗುಲು ಯಾರೂ ನೋಡಿಲ್ಲ."

ಹಿಂದಿನ ಮಗ್ಗುಲಿಗೂ ಅಂಚಿಗೂ ಬೆರಳು ದಪ್ಪದ ಗಟ್ಟಿ ಮಣ್ಣು ಅಂಟಿಕೊಂಡಿತ್ತು. ಅದನ್ನು ಅಡಿಗಿಟ್ಟೇ ಅಷ್ಟು ವರ್ಷ ವೆಲ್ವೆಟ್ ಮೇಲೆ ಕೂರಿಸಿದ್ದರು. ಚಿಕ್ಕ ಮೇಡಂ ಒಳಗಿನ ಕೋಣೆಗೆ ಒಯ್ದು, ಮರಳು ಚೀಲದ ಮೇಲೆ ಕಲ್ಲಿಟ್ಟು, ಗಾಳಿಯ ಒತ್ತಡದಿಂದ ಮೊನೆ ಅದುರುವ ಪೆನ್ನಿನಲ್ಲಿ ಮಣ್ಣನ್ನು ಚೂರುಚೂರಾಗಿ ಎಬ್ಬಿಸತೊಡಗಿದಳು. ನಾನು ಹೊರಗೆ ಟೋಕನ್ ಹನ್ನೆರಡರ ಉಲ್ಕೆಯನ್ನು ಕಬ್ಬಿಣದ ಕಿಟ್ಟವೆಂದೂ, ಅಜ್ಜಿಯ ಡೈನೋಸಾರ್ ಮೊಟ್ಟೆಯನ್ನು ಉರುಟು ಕಲ್ಲೆಂದೂ ಹೇಳಿ ಕಳಿಸಿದೆ. ಅಜ್ಜಿ ಹೋಗಲಿಲ್ಲ. "ಅವರದ್ದು ಏನಾಗುತ್ತೋ ನೋಡ್ಕೊಂಡೇ ಹೋಗ್ತೀನಿ," ಎಂದು ನಮ್ಮವರ ಪಕ್ಕ ಕೂತಳು. ಇಬ್ಬರೂ ಎರಡು ಗಂಟೆ ನನ್ನ ಗುಣಗಳ ಬಗ್ಗೆ ಪಿಸುಪಿಸು ಮಾತಾಡಿದರು.

"ಮೇಡಂ! ಬನ್ನಿ!" ಎಂದು ಒಳಗಿನಿಂದ ಕೂಗು. ಮೆತ್ತಗಿನ ಬಾಯಿಯ ಹುಡುಗಿ ಕೂಗಿದ್ದು ಅದೇ ಮೊದಲು.

ಮಣ್ಣು ಬಿಟ್ಟ ಜಾಗದಲ್ಲಿ ಏಣುಗಳಿದ್ದವು. ಯಾರೂ ಅರ ಮುಟ್ಟಿಸದ ಏಣುಗಳು. ನಡುವಿನ ಹತ್ತಿರ ಒತ್ತೊತ್ತಾಗಿ, ಹೊರಗೆ ಬಂದಂತೆ ದೂರದೂರವಾಗಿ, ಕೊಂಚ ಬಾಗಿ, ಅಂಚಿನ ಬಳಿ ಒಂದೊಂದೂ ಎರಡಾಗಿ ಕವಲೊಡೆದು, ಅಂಚನ್ನು ಹತ್ತಿ ದಾಟಿ ಮುಂದಿನ ಮಗ್ಗುಲಿಗೆ ಇಳಿದು, ಅಲ್ಲಿ ನಮ್ಮವರ ನೇರ ಗೆರೆಗಳಿಗೆ ಡಿಕ್ಕಿ ಹೊಡೆದು ಮಾಯವಾಗಿದ್ದವು. ಚಿಪ್ಪು ಎದ್ದುಹೋದ ಒಂದೆಡೆ ಸೊಪ್ಪಿನ ಅಂಚಿನಂತೆ ಸುಕ್ಕುಸುಕ್ಕಾದ ಗೆರೆ. ಪ್ರಾಣಿಯ ಒಳಗಿನ ಕೋಣೆಗಳ ಗೋಡೆ ಚಿಪ್ಪಿಗೆ ಸೇರುವ ಗೆರೆ ಅದು. ಕಲ್ಲು ಸವೆದರೆ ಬಳೆಯಂಥ ಗೆರೆ ಮೂಡಬಹುದು, ಇಂಥದ್ದು ಮೂಡಲಾರದು.

"ಅಮೋನೈಟ್," ಎಂದೆ. ಆ ನಾಲ್ಕಕ್ಷರ ಹೇಳಲು ನನಗೆ ಇಪ್ಪತ್ತಾರು ವರ್ಷ ಹಿಡಿದಿತ್ತು.

ಅಜ್ಜಿ ಚಪ್ಪಾಳೆ ತಟ್ಟಿದಳು. ನಮ್ಮವರು ಕುಣಿಯಲಿಲ್ಲ. ಬೆರಳಿನಿಂದ ಆ ಕವಲುಗಳನ್ನು ಮುಟ್ಟಿ, "ಈ ಕಡೆ ನಿಜವಾದ್ದೇ ಇತ್ತಲ್ಲೇ," ಎಂದರು. "ನಾನು ಅದ್ಯಾಕೆ ಅರ ಹಾಕಿದೆನೋ."

ಅಷ್ಟರಲ್ಲಿ ಚಿಕ್ಕ ಮೇಡಂ ಉತ್ಸಾಹದಲ್ಲಿ ಒಂದು ಫಾರಂ ತಂದಿಟ್ಟಳು. "ಸರ್, ಇಷ್ಟು ಸ್ಪಷ್ಟವಾದ ಗೋಡೆ ಗೆರೆ ನಮ್ಮ ಸಂಗ್ರಹದಲ್ಲಿಲ್ಲ. ನೀವು ಇದನ್ನ ನಮಗೆ ಕೊಟ್ರೆ..."

ನಮ್ಮವರು ಕಲ್ಲನ್ನು ಎದೆಗೆ ಅವುಚಿಕೊಂಡರು. "ಕೊಡೋದಾ? ಬೇಡ ಬೇಡ. ನೀವು ಅದನ್ನ ಸುಮ್ಮನೆ ಕಲ್ಲು ಅಂತಲೇ ಬರ್ಕೊಳ್ಳಿ. ತಾನಾಗಿ ಆಗಿದ್ದು. ಕಬ್ಬಿಣದ ಪದರ. ಮೇಡಂ ಅವತ್ತೇ ಹೇಳಿದ್ರಲ್ಲ, ಅವರು ಹೇಳಿದ್ದೇ ಸರಿ!"

ಇಪ್ಪತ್ತಾರು ವರ್ಷ ಯಾವ ಮಾತಿಗಾಗಿ ನನ್ನ ಜೊತೆ ಗುದ್ದಾಡಿದ್ದರೋ ಆ ಮಾತನ್ನು ಒಂದೇ ಉಸಿರಿಗೆ ಬಿಟ್ಟುಕೊಟ್ಟರು, ಕಲ್ಲನ್ನು ಮಾತ್ರ ಬಿಡಲಿಲ್ಲ. ನನ್ನ ತಪ್ಪು ಮುಚ್ಚಿಹೋಗಲು ನನ್ನ ಗಂಡನೇ ಬಾಗಿಲು ತೆರೆದು ನಿಂತಿದ್ದರು. ಹೂಂ ಎಂದರೆ ಸಾಕಿತ್ತು. ಆದರೆ ಕಲ್ಲಿನ ಬಗ್ಗೆ ಸುಳ್ಳು ಬರೆಯುವುದು ನನ್ನ ಕೈಯಲ್ಲಿ ಆಗುವ ಕೆಲಸವಲ್ಲ.

ನಾನೇ ದಾಖಲೆ ಪುಸ್ತಕ ಎಳೆದುಕೊಂಡು ಬರೆದೆ: "ಅಮೋನೈಟ್. ಹಿಂದೆ ಈ ಮೇಜಿನಲ್ಲಿ ಒಂದೇ ಮಗ್ಗುಲು ನೋಡಿ ಕೊಟ್ಟ ಅಭಿಪ್ರಾಯ ತಪ್ಪು. ಜಲ್ಲಿ ರಾಶಿಯಲ್ಲಿ ಸಿಕ್ಕಿದ್ದು, ಮೂಲ ಜಾಗ ತಿಳಿಯದು. ಮುಂದಿನ ಮಗ್ಗುಲು ಅರದಿಂದ ಹಾಳಾಗಿದೆ. ಸಂಗ್ರಹಕ್ಕೆ ಶಿಫಾರಸು ಇಲ್ಲ. ಮಾಲೀಕರಿಗೆ ಹಿಂದಿರುಗಿಸಿದೆ." ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಯಾವ ಬಂಡೆಯಿಂದ ಬಂತೆಂದು ತಿಳಿಯದ ಪಳೆಯುಳಿಕೆಯಿಂದ ನಮಗೆ ಹೆಚ್ಚು ಉಪಯೋಗವೂ ಇಲ್ಲ. ಚಿಕ್ಕ ಮೇಡಂಗೆ ಗೋಡೆ ಗೆರೆಯ ಫೋಟೊ ತೆಗೆದುಕೊಳ್ಳಲು ಹೇಳಿದೆ. ಅವಳು ಫೋಟೊ ತೆಗೆದು, ಫಾರಮ್ಮನ್ನು ಮಡಚಿಟ್ಟಳು.

ಸಂಜೆ ಬಸ್ಸಿನಲ್ಲಿ ಕಿಟಕಿಯ ಪಕ್ಕದ ಸೀಟನ್ನು ಕಲ್ಲಿಗೆ ಬಿಟ್ಟುಕೊಡಲು ನೋಡಿದರು. ಬೈದ ಮೇಲೆ ತೊಡೆಯ ಮೇಲಿಟ್ಟುಕೊಂಡರು. ಪುಸ್ತಕದಲ್ಲಿ ಬರೆಯುವುದು ಬೇರೆ, ಬಾಯಿಬಿಟ್ಟು ಹೇಳುವುದು ಬೇರೆ. ಇವರಿಗೆ ನಾನು ಎರಡನೆಯದನ್ನು ಬಾಕಿ ಉಳಿಸಿಕೊಂಡಿದ್ದೆ.

"ನಂದು ತಪ್ಪಾಯ್ತು ರೀ," ಎಂದೆ. "ಅವತ್ತು ನಾನು ತಿರುಗಿಸಿ ನೋಡ್ಬೇಕಿತ್ತು. ಆಮೇಲಾದ್ರೂ ನೋಡ್ಬೇಕಿತ್ತು."

ಅವರು ಕಲ್ಲನ್ನು ಎತ್ತಿ ನನ್ನ ತೊಡೆಯ ಮೇಲಿಟ್ಟರು, ಅರ ಹಾಕದ ಮಗ್ಗುಲು ಮೇಲೆ ಬರುವಂತೆ.

"ಹಿಡ್ಕೋ," ಎಂದರು. "ಭಾರ ಇದೆ."