ನೀಲಿಯಾಗಿ ಉಳಿದ ಆರು ತೂತು

ಅಂಕೋಲೆಯ ತುಳಸಿದಾಸರ ವರ್ಕ್‌ಶಾಪಿನಲ್ಲಿ, ಸರಿಯಾಗಿ ನಾಗಶ್ರೀಯ ಕಂಪ್ಯೂಟರಿನ ಎದುರಿನ ಗೋಡೆಗೆ, ಒಂದು ಉಕ್ಕಿನ ಪ್ಲೇಟು ನೇತಾಡುತ್ತಿತ್ತು. ನೋಡಲು ಲಕ್ಷಣವಾಗಿಯೇ ಇತ್ತು. ಆದರೆ ಅದರ ತೂತುಗಳು ಲೋಕದ ಯಾವ ಬೋಲ್ಟಿಗೂ ಕೂರುತ್ತಿರಲಿಲ್ಲ. ಕಳೆದ ತಿಂಗಳು ಮಂಜುಗಡ್ಡೆ ಒಡೆಯುವ ಯಂತ್ರದ ಮುಚ್ಚಳಕ್ಕೆಂದು ನಾಗಶ್ರೀ ನಕ್ಷೆ ಬರೆದು, ಹುಬ್ಬಳ್ಳಿಯಲ್ಲಿ ಲೇಸರಿನಿಂದ ಕತ್ತರಿಸಿ ತರಿಸಿದ ಪ್ಲೇಟು ಅದು. ತುಳಸಿದಾಸರು ಅವಳನ್ನು ಬೈಯಲಿಲ್ಲ. ಒಂದು ಮೊಳೆ ಹೊಡೆದು ಅದನ್ನು ಅಲ್ಲಿ ತೂಗುಹಾಕಿ, "ಇನ್ನೊಂದ್ಸಲ ಹಿಂಗಾದ್ರೆ ನಕ್ಷೆ ಕೆಲಸ ಮೊದಲಿನ ಹಾಗೆ ಹುಬ್ಬಳ್ಳಿಗೇ ಹೋಗ್ತದೆ ನೋಡು" ಎಂದರು, ಅಷ್ಟೇ. ಬೈದಿದ್ದರೆ ಎಷ್ಟೋ ವಾಸಿಯಿತ್ತು ಎಂದು ನಾಗಶ್ರೀಗೆ ದಿನಾ ಅನಿಸುತ್ತಿತ್ತು.

ಶೆಟಗೇರಿಯ ಹುಡುಗಿ. ಕಾರವಾರದಲ್ಲಿ ಡಿಪ್ಲೊಮಾ ಮುಗಿಸಿ, ಎರಡು ವರ್ಷ ಅಲ್ಲಿ ಇಲ್ಲಿ ಅರ್ಜಿ ಹಾಕಿ ಸುಸ್ತಾದ ಮೇಲೆ, ಮನೆಯಿಂದ ಸೈಕಲ್ಲಿನಲ್ಲೇ ಹೋಗಿ ಬರುವಷ್ಟು ದೂರದಲ್ಲಿ, ತಾನು ಕಲಿತ ಕೆಲಸವೇ ಸಿಕ್ಕಿತ್ತು. ಅಂಕೋಲೆಯಲ್ಲಿ ಇನ್ನೊಂದು ಇಂಥ ಮೇಜು ಎಲ್ಲಿದೆ? ಅದು ಕೈತಪ್ಪಿದರೆ ಮತ್ತೆ ಅರ್ಜಿಗಳ ಕಾಲ ಶುರು. ಆ ಪ್ಲೇಟು ಕಣ್ಣಿಗೆ ಬಿದ್ದಾಗಲೆಲ್ಲ ಅವಳು ಬರೆದ ನಕ್ಷೆಯ ಅಳತೆಗಳನ್ನು ಇನ್ನೊಮ್ಮೆ ಮೊದಲಿನಿಂದ ನೋಡುತ್ತಿದ್ದಳು.

ಜುಲೈ ಇಪ್ಪತ್ತೊಂಬತ್ತರ ಬೆಳಿಗ್ಗೆ ಅವಳ ಮುಂದೆ ಇದ್ದದ್ದು ಬೈತಖೋಲ ಬಂದರಿನಲ್ಲಿ ದಡಕ್ಕೆ ಎಳೆದಿಟ್ಟ ಒಂದು ಬೋಟಿನ ಕೆಲಸ. ಬೋಟಿನ ಹಿಂಭಾಗದಲ್ಲಿ ಪಂಖದ ಶಾಫ್ಟು ಹೊರಗೆ ಹೋಗುವಲ್ಲಿ ನೀರು ಒಳಗೆ ಬಾರದಂತೆ ಹಿಡಿಯುವ ದುಂಡನೆಯ ಪ್ಲೇಟು ತುಕ್ಕು ತಿಂದು ಬಿರಿದಿತ್ತು. ಆಗಸ್ಟ್ ಒಂದಕ್ಕೆ ಮೀನುಗಾರಿಕೆ ನಿಷೇಧ ಮುಗಿಯುತ್ತದೆ, ಎಲ್ಲ ಬೋಟುಗಳೂ ಕಡಲಿಗೆ ಬೀಳುತ್ತವೆ. ಬೋಟಿನ ಎಂಜಿನ್ ನೋಡಿಕೊಳ್ಳುವ ಶನಿಯಾರಣ್ಣ ಶಾಫ್ಟು ಎಳೆದು ತೆಗೆದು, ಹಳೇ ಪ್ಲೇಟನ್ನು ಕಳಚಿ, ಅಳತೆಗಳನ್ನೆಲ್ಲ ಕ್ಯಾಲೆಂಡರಿನ ಹಾಳೆಯ ಹಿಂದೆ ಬರೆದು ಕಳಿಸಿದ್ದ. ಪ್ಲೇಟನ್ನೇ ಕಳಿಸಬಹುದಿತ್ತು. ಆದರೆ ಅಳತೆ ಮುಗಿದ ಮೇಲೆ ಅದು ಅವನ ಕೈ ಜಾರಿ ಬೋಟು ಕಟ್ಟುವ ಧಕ್ಕೆಯ ನೀರಿಗೆ ಬಿದ್ದು ಕೆಸರು ಸೇರಿತ್ತು. ಸಂಜೆ ನಾಲ್ಕರೊಳಗೆ ಫೈಲು ಹುಬ್ಬಳ್ಳಿಗೆ ಹೋದರೆ ನಾಳೆ ಕತ್ತರಿಸಿ, ನಾಡಿದ್ದು ಬಸ್ಸಿನಲ್ಲಿ ಪಾರ್ಸಲ್ ಬರುತ್ತದೆ. ತಪ್ಪಿದರೆ ಬೋಟು ದಡದಲ್ಲಿ, ನಕ್ಷೆಯ ಕೆಲಸ ಹುಬ್ಬಳ್ಳಿಯಲ್ಲಿ.

ವರ್ಕ್‌ಶಾಪಿಗೆ ಒಂದು ನಿಯಮವಿತ್ತು. ನಕ್ಷೆಯ ಎಲ್ಲ ಗೆರೆಗಳೂ ಕಪ್ಪಾಗದೆ ಫೈಲು ಹೊರಗೆ ಹೋಗಬಾರದು. ಕಂಪ್ಯೂಟರಿನ ನಕ್ಷೆ ಪ್ರೋಗ್ರಾಮಿನಲ್ಲಿ ಬರೆದ ಗೆರೆ ಮೊದಲು ನೀಲಿಯಾಗಿರುತ್ತದೆ. ನೀಲಿ ಎಂದರೆ ಅದಿನ್ನೂ ಅಲ್ಲಾಡಬಹುದು. ಅಳತೆ ಕೊಟ್ಟು, ಇದು ಅದಕ್ಕೆ ಸಮ, ಇದರ ಕೇಂದ್ರ ಇಲ್ಲೇ ಎಂದು ಕಟ್ಟು ಹಾಕುತ್ತ ಹೋದಂತೆ, ಅಲ್ಲಾಡಲು ಜಾಗವಿಲ್ಲದ ಗೆರೆ ಕಪ್ಪಾಗುತ್ತದೆ.

ನಾಗಶ್ರೀ ಎಲ್ಲ ಕಟ್ಟುಗಳನ್ನೂ ಹಾಕಿದ್ದಳು. ಹೊರಸುತ್ತಿನ ವ್ಯಾಸ ಇನ್ನೂರಿಪ್ಪತ್ತು ಮಿಲಿಮೀಟರ್. ನಡುವಿನ ತೂತು ಎಂಬತ್ತು. ಗ್ರೀಸ್ ಪೈಪಿನ ಸಣ್ಣ ತೂತು ಕೇಂದ್ರದಿಂದ ನೇರ ಮೇಲಕ್ಕೆ ಅರವತ್ತೆರಡರಲ್ಲಿ. ಆರು ಬೋಲ್ಟಿನ ತೂತುಗಳು ನೂರೆಂಬತ್ತರ ವ್ಯಾಸದ ಸುತ್ತಿನ ಮೇಲೆ. ಅವಕ್ಕಾಗಿ ಸಹಾಯದ ಗೆರೆಗಳಲ್ಲಿ ಸಮ ಷಟ್ಕೋನ ಬರೆದು, ಮೂಲೆಗೊಂದು ತೂತು ಕೂರಿಸಿ, ಒಂದರ ಅಳತೆ ಕೊಟ್ಟು, ಉಳಿದವನ್ನು ಅದಕ್ಕೆ ಸಮ ಮಾಡಿದ್ದಳು. ಉಳಿದೆಲ್ಲ ಕಪ್ಪಾಯಿತು. ಆ ಆರು ತೂತು ಮತ್ತು ಷಟ್ಕೋನ ಮಾತ್ರ ನೀಲಿ. ಕೆಳಗಿನ ಪಟ್ಟಿಯಲ್ಲಿ 'ಅಂಡರ್ ಡಿಫೈನ್ಡ್', ಕಟ್ಟು ಇನ್ನೂ ಸಾಲದು, ಎಂಬ ಅದೇ ಹಾಳು ಮಾತು. ಎಲ್ಲ ಅಳಿಸಿ ಮತ್ತೊಮ್ಮೆ ಬರೆದಳು. ಮತ್ತೆ ಅದೇ ಆರು ನೀಲಿ, ಅವಳನ್ನು ಅಣಕಿಸುವ ಹಾಗೆ.

"ಎಂತಕ್ಕೆ ತಲೆ ಕೆಡಿಸ್ಕಂತಿ ಮಾರಾಯ್ತಿ?" ಎಂದ ಸಂಕೇತ. ಅವನು ಲೋಹ ಕಡೆಯುವ ಲೇತ್ ನಡೆಸುವವನು, ನಾಗಶ್ರೀಗಿಂತ ಎಂಟು ವರ್ಷ ಹಿರಿಯ, ನಕ್ಷೆಯ ವಿಷಯದಲ್ಲೂ ಸಲಹೆ ಕೊಡುವುದು ತನ್ನ ಹಕ್ಕೆಂದು ತಿಳಿದವನು. "ಫಿಕ್ಸ್ ಒತ್ತಿ ಬಿಡು. ಎಲ್ಲ ಕಪ್ಪಾಗ್ತದೆ, ಕಳ್ಸು."

ನಾಗಶ್ರೀಯ ಕೈ ಫಿಕ್ಸ್ ಗುಂಡಿಯತ್ತ ಹೋಗಿಯೂ ಆಗಿತ್ತು. ಆಗ ಗೋಡೆಯ ಪ್ಲೇಟು ಕಣ್ಣಿಗೆ ಬಿತ್ತು. ಅದಕ್ಕೂ ಅವಳು ಮಾಡಿದ್ದು ಅದನ್ನೇ! ಬಿಡದ ನೀಲಿಗೆ ಬೇಸತ್ತು ಫಿಕ್ಸ್ ಒತ್ತಿದ್ದಳು. ಆ ಗುಂಡಿ ಗೆರೆಯನ್ನು ಇದ್ದಲ್ಲೇ ಮೊಳೆ ಹೊಡೆದು ನಿಲ್ಲಿಸುತ್ತದೆ. ಅದು ಇರಬೇಕಾದ ಜಾಗವೋ ಅಲ್ಲವೋ ಕೇಳುವುದಿಲ್ಲ.

ಅವಳು ಫಿಕ್ಸ್ ಬಿಟ್ಟು, ಒಂದು ನೀಲಿ ತೂತನ್ನು ಮೌಸಿನಿಂದ ಹಿಡಿದು ಮೆಲ್ಲನೆ ಎಳೆದಳು. ಆರೂ ತೂತುಗಳು ಒಟ್ಟಿಗೆ, ಒಂದಕ್ಕೊಂದರ ಅಂತರ ಬದಲಾಗದೆ, ಕೇಂದ್ರದ ಸುತ್ತ ಗಿರಗಿರ ತಿರುಗಿದವು. ಮೇಲಿನ ಗ್ರೀಸ್ ತೂತು ಇದ್ದಲ್ಲೇ ಇತ್ತು.

"ಅಯ್ಯೋ ದೇವ್ರೆ" ಎಂದಳು ನಾಗಶ್ರೀ. ಗಾತ್ರ ಗೊತ್ತು, ಅಂತರ ಗೊತ್ತು, ಸುತ್ತು ಗೊತ್ತು. ಆರೂ ಸೇರಿ ಎಷ್ಟು ತಿರುಗಿ ನಿಲ್ಲಬೇಕು ಎಂಬುದನ್ನು ಮಾತ್ರ ಯಾರೂ ಹೇಳಿರಲಿಲ್ಲ. ಶನಿಯಾರಣ್ಣನ ಹಾಳೆಯಲ್ಲೂ ಅದಿಲ್ಲ. ಪ್ರೋಗ್ರಾಮು ಬೆಳಗಿನಿಂದ ಕೇಳುತ್ತಿದ್ದದ್ದು ಅದೊಂದನ್ನೇ.

ಶನಿಯಾರಣ್ಣನಿಗೆ ಫೋನು ಹಚ್ಚಿದಳು. "ಅಣ್ಣಾ, ಗ್ರೀಸ್ ಪೈಪು ಬೋಲ್ಟಿನ ನೇರಕ್ಕೆ ಅದೆಯೋ, ಎರಡು ಬೋಲ್ಟಿನ ನಡುವೆ ಅದೆಯೋ?"

"ಪೈಪು ಮೇಲೆ ಅದೆ ತಂಗಿ. ಯಾವಾಗ್ಲೂ ಮೇಲೇ ಇರೂದು. ಅದನ್ನೆಂತಾ ಕೇಳ್ತಿ?"

"ಮೇಲೆ ಸರಿ. ಬೋಲ್ಟು ಎಲ್ಲದೆ?"

"ಬೋಲ್ಟು ಇದ್ದಲ್ಲೇ ಅದೆ!"

ಮೂವತ್ತು ವರ್ಷದಿಂದ ಅದೇ ಬೋಟಿನ ಅಡಿಯಲ್ಲಿ ಮಲಗಿ ಎದ್ದವನಿಗೆ ಅದನ್ನೂ ಬರೆಯಬೇಕು ಎಂದು ಹೊಳೆಯುವುದಾದರೂ ಹೇಗೆ? ಮರದೊಳಗೆ ಹುಗಿದ ಆರು ಬೋಲ್ಟು, ಅಲ್ಲೇ ಚಾಚಿಕೊಂಡ ಪೈಪು. ಅವನ ಪಾಲಿಗೆ ಅವು ಎಂದೂ ತಿರುಗಿದ್ದಿಲ್ಲ. ಅವಳು ಕೇಳಿದ್ದಕ್ಕೆ ಅವನು ತೆಗೆದು ಕಳಿಸಿದ ಫೋಟೋದಲ್ಲಿ ಕತ್ತಲೆ, ಗ್ರೀಸು, ಓರೆಯಾಗಿ ಕಂಡ ಎರಡು ಬೋಲ್ಟು ಮತ್ತು ಅವನದೇ ಹೆಬ್ಬೆರಳು ಇದ್ದವು.

"ಒಂದು ಬೋಲ್ಟಿನ ನೇರಕ್ಕೆ ಇಟ್ಬಿಡು, ಚಂದ ಕಾಣ್ತದೆ" ಎಂದ ಸಂಕೇತ.

"ಚಂದಕ್ಕೆ ಬೋಟು ತೇಲೂದಿಲ್ಲ" ಎಂದು ನಾಗಶ್ರೀ ಛತ್ರಿ ತಗೊಂಡಳು. ತುಳಸಿದಾಸರು ಗಡಿಯಾರ ನೋಡಿದರು, ಅವಳನ್ನು ನೋಡಿದರು, ಗೋಡೆಯ ಪ್ಲೇಟನ್ನು ನೋಡಿದರು. "ನಾಲ್ಕಕ್ಕೆ ಫೈಲು" ಎಂದರು.

ಹತ್ತೂವರೆಯ ಬಸ್ಸು ಕಾರವಾರಕ್ಕೆ ಹೋಗಿ ಮುಟ್ಟುವವರೆಗೂ ಅವಳು ಕಿಟಕಿಯಾಚೆಯ ಕಡಲನ್ನು ನೋಡಲಿಲ್ಲ. ಬೈತಖೋಲದಲ್ಲಿ ಶನಿಯಾರಣ್ಣ ಅವಳನ್ನು ಬೋಟಿನ ಹಿಂಭಾಗಕ್ಕೆ ಇಳಿಸಿ ಟಾರ್ಚು ಹಿಡಿದ. ಅವಳು ಸ್ಕೇಲು ತೆಗೆಯುವುದರೊಳಗೆ ಅವನು ಹಳೇ ಪೇಪರೊಂದನ್ನು ಬಿಡಿಸಿ, ಬೋಲ್ಟುಗಳ ಮೇಲೆ ಒತ್ತಿ, ಅಂಗೈಯಿಂದ ತಟ್ಟಿದ. ಆರು ಬೋಲ್ಟು, ಒಂದು ಪೈಪು, ಏಳೂ ಪೇಪರನ್ನು ತೂರಿ ಹೊರಬಂದವು. ಪ್ಲೇಟಿನ ಅಡಿಗೆ ಹಾಕುವ ಗ್ಯಾಸ್ಕೆಟ್ ಕತ್ತರಿಸಲು ಅವರೆಲ್ಲ ಮಾಡುವುದು ಹೀಗೆಯೇ.

"ಇದನ್ನೇ ಮೊದ್ಲು ಕಳ್ಸೂದಲ್ವಾ ಅಣ್ಣಾ!"

"ಕಂಪ್ಯೂಟರಿಗೆ ಪೇಪರು ಎಂತಕ್ಕೆ, ನಂಬರು ಬೇಕು ಅಂದ್ಕಂಡೆ" ಎಂದ ಅವನು, ಸ್ವಲ್ಪ ನಾಚಿ.

ಪೈಪು ಬೋಲ್ಟಿನ ನೇರಕ್ಕೂ ಇರಲಿಲ್ಲ, ಎರಡರ ನಡುಮಧ್ಯಕ್ಕೂ ಇರಲಿಲ್ಲ. ಹತ್ತಿರದ ಬೋಲ್ಟಿನ ಕೇಂದ್ರಕ್ಕೆ ಮೂವತ್ತಾರೂವರೆ ಮಿಲಿಮೀಟರ್, ಆಚೆಯದಕ್ಕೆ ಅರವತ್ತು ಚಿಲ್ಲರೆ. ನೇರಕ್ಕೆ ಇಟ್ಟಿದ್ದರೆ ಇಪ್ಪತ್ತೆಂಟು ಬರುತ್ತಿತ್ತು, ನಡುವೆ ಇಟ್ಟಿದ್ದರೆ ನಲವತ್ತೆಂಟರ ಹತ್ತಿರ. ಎರಡು ಊಹೆಯೂ ಸುಳ್ಳು. ಬೋಲ್ಟು ಬಿಗಿಯುವಾಗ ಪಕ್ಕದ ಮರದ ತೊಲೆಗೆ ಪಾನಾ ತಾಗಬಾರದೆಂದು ಬೋಟು ಕಟ್ಟಿದವನು ಬೋಲ್ಟುಗಳನ್ನು ಹಾಗೆ ತಿರುಗಿಸಿ ಕೂರಿಸಿದ್ದನಂತೆ. ನಾಗಶ್ರೀ ಪೇಪರನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಮಗುವಿನ ಹಾಗೆ ಎದೆಗವಚಿಕೊಂಡು ಬಸ್ಸು ಹತ್ತಿದಳು.

ಮೂರೂಕಾಲಕ್ಕೆ ಮೇಜಿನ ಮುಂದೆ ಕೂತಳು. ಗ್ರೀಸ್ ತೂತಿನಿಂದ ಹತ್ತಿರದ ಬೋಲ್ಟ್ ತೂತಿಗೆ ಮೂವತ್ತಾರೂವರೆ ಎಂದು ಕೊಟ್ಟಳು. ಷಟ್ಕೋನ ಸ್ವಲ್ಪ ತಿರುಗಿ ನಿಂತಿತು, ಆರೂ ತೂತು ಒಟ್ಟಿಗೆ ಕಪ್ಪಾದವು. ಆಚೆಯ ಬೋಲ್ಟಿಗೆ ಎಷ್ಟು ಎಂದು ಅಳೆದು ನೋಡಿದರೆ ಅರವತ್ತು ಪಾಯಿಂಟ್ ನಾಲ್ಕು. ಪೇಪರಿನ ಜೊತೆ ತಾಳೆಯಾಯಿತು. ಬೆಳಗಿನಿಂದ ಹಿಡಿದಿದ್ದ ಉಸಿರನ್ನು ಆಗ ಬಿಟ್ಟಳು.

ಬಿಟ್ಟ ಉಸಿರನ್ನು ಮತ್ತೆ ಹಿಡಿಯಬೇಕಾಯಿತು. ಪರದೆಯಲ್ಲಿ ಹತ್ತಿರದ ಬೋಲ್ಟು ಗ್ರೀಸ್ ತೂತಿನ ಎಡಕ್ಕಿತ್ತು. ಮೇಜಿನ ಮೇಲೆ ಹಾಸಿದ ಪೇಪರಿನಲ್ಲಿ ಬಲಕ್ಕಿತ್ತು. ಮೂವತ್ತಾರೂವರೆ ಎಂಬ ಅಳತೆ ಎಡಕ್ಕೂ ಸರಿ, ಬಲಕ್ಕೂ ಸರಿ. ಪ್ರೋಗ್ರಾಮು ತನಗೆ ಹತ್ತಿರವಾದದ್ದನ್ನು ಹಿಡಿದಿತ್ತು. ಎಲ್ಲ ಕಪ್ಪಾಗಿಯೂ ತಪ್ಪಾಗಬಹುದು! ಅದು ಹೋಗಲಿ, ಈ ಪೇಪರಿನ ಯಾವ ಮೈ ಎಂಜಿನ್ ಕಡೆಗಿತ್ತು? ಅಕ್ಷರ ಎರಡೂ ಕಡೆ, ಗ್ರೀಸು ಎರಡೂ ಕಡೆ. ಗುರುತು ಹಾಕಲು ಮರೆತಿದ್ದಳು. ಗಂಟೆ ಮೂರೂ ನಲವತ್ತು. ಅವಳಿಗೆ ಅಳುವೇ ಬಂತು.

ಮತ್ತೆ ಶನಿಯಾರಣ್ಣನಿಗೆ ಫೋನು ಹಚ್ಚಿದಳು. "ಅಣ್ಣಾ, ಎಂಜಿನ್ ಕಡೆಯಿಂದ ಕಂಡ್ರೆ ಹತ್ರದ ಬೋಲ್ಟು ಪೈಪಿನ ಎಡಕ್ಕೋ ಬಲಕ್ಕೋ? ಪೇಪರು ಯಾವ ಬದಿ ಅಂತ ನಂಗೆ ತಿಳೀದೇ ಹೋತು."

ಆ ಕಡೆ ಮಳೆಯ ಸದ್ದಿನ ನಡುವೆ ಶನಿಯಾರಣ್ಣ ಜೋರಾಗಿ ನಕ್ಕ.

"ತಂಗಿ, ಆ ಪ್ಲೇಟಿಗೆ ಒಂದು ಬದಿ ಏನಾದ್ರೂ ಗಡ್ಡೆ, ಅಂಚು ಅದೆಯಾ?"

"ಇಲ್ಲ. ಎರಡೂ ಬದಿ ಸಪಾಟು."

"ಮತ್ತೆಂತದು? ಎಡಕ್ಕೆ ಬಂದ್ರೆ ಮಗ್ಚಿ ಹಾಕ್ತೆ, ಬಲಕ್ಕೆ ಆಗ್ತದೆ. ದೋಸೆ ಮಗ್ಚೂಕೆ ಬರ್ತದಲ್ಲ ನಿಂಗೆ?"

ನಾಗಶ್ರೀ ಪೇಪರನ್ನು ಹಿಡಿದು ಮಗುಚಿದಳು. ಬಲಕ್ಕಿದ್ದ ತೂತು ಎಡಕ್ಕೆ ಬಂದು, ಪರದೆಯ ನಕ್ಷೆಯ ಪಡಿಯಚ್ಚಾಗಿ ನಿಂತಿತು. ಕಣ್ಣಲ್ಲಿ ನೀರು ಇದ್ದ ಹಾಗೆಯೇ ಅವಳಿಗೆ ನಗು ಉಕ್ಕಿತು. ನಗುತ್ತಲೇ ಫೈಲು ಕಳಿಸಿದಳು. ಮೂರೂ ಐವತ್ತೆರಡು.

ಮೂವತ್ತೊಂದರ ಮಧ್ಯಾಹ್ನ ಶನಿಯಾರಣ್ಣನ ಫೋನು ಬಂತು. ಅವನ ದನಿ ಎಷ್ಟು ದೊಡ್ಡದೆಂದರೆ ಲೇತಿನ ಸದ್ದಿನಲ್ಲೂ ಎಲ್ಲರಿಗೂ ಕೇಳಿತು. "ಕೂತ್ತು ತಂಗಿ! ಆರೂ ಕೂತ್ತು, ಪೈಪೂ ಕೂತ್ತು. ಸುತ್ಗಿ ಮುಟ್ಟಲೇ ಇಲ್ಲ. ಮಗ್ಚಿಯೇ ಹಾಕ್ದೆ!"

ನಾಗಶ್ರೀ ಕುರ್ಚಿಗೆ ಒರಗಿದಳು. ಆಮೇಲೆ, ಯಾರೂ ಕೇಳದಿದ್ದರೂ, ಹೇಳಿಬಿಟ್ಟಳು: "ಸರ್, ಆ ಮುಚ್ಚಳಕ್ಕೂ ಇದೇ ಆಗಿತ್ತು. ಕಪ್ಪಾಗ್ಲಿ ಅಂತ ನಾನು ಫಿಕ್ಸ್ ಒತ್ತಿದ್ದೆ. ಯಾಕೆ ನೀಲಿ ಅಂತ ಕೇಳ್ಲೇ ಇಲ್ಲ."

ಸಂಕೇತ ಲೇತಿನ ಕಡೆ ಬಹಳ ಗಮನ ಕೊಟ್ಟು ಬಗ್ಗಿದ.

ತುಳಸಿದಾಸರು ಎದ್ದು ಬಂದು, ಸ್ಟೂಲು ಹತ್ತಿ, ಗೋಡೆಯ ಪ್ಲೇಟನ್ನು ಮೊಳೆಯಿಂದ ಇಳಿಸಿದರು. ನಾಗಶ್ರೀ ಕುರ್ಚಿಯಿಂದ ಅರ್ಧ ಎದ್ದಳು. ಅವರು ಅದನ್ನು ಹೊತ್ತುಕೊಂಡು ಬಾಗಿಲಿಗೆ ಹೋಗಿ, ಬಾಗಿಲು ಪೂರ್ತಿ ತೆರೆದು, ಅದರ ಬುಡಕ್ಕೆ ಒತ್ತಿ ಇಟ್ಟರು.

"ಮಳೆಗಾಳಿಗೆ ಈ ಬಾಗಿಲು ಬಡೀತಾನೇ ಇರ್ತದೆ" ಎಂದರು. "ಭಾರದ್ದು ಏನಾದ್ರೂ ಬೇಕು ಅಂತ ಯಾವತ್ತಿಂದ್ಲೋ ನೋಡ್ತಿದ್ದೆ."