ಭಾಗವ್ವನ ಕರಿ ಐದು

ಸರ್ವೆ ಇಲಾಖೆಯಿಂದ ನಿವೃತ್ತರಾದ ಚನಮಲ್ಲಪ್ಪನವರು ಮನುಷ್ಯರ ಮಾತನ್ನು ನಂಬಿದವರೇ ಅಲ್ಲ. ಜಮಖಂಡಿಯಿಂದ ಬೀಳಗಿಯವರೆಗೆ ಹೊಲ ಅಳೆದ ಆಸಾಮಿ. ರೈತ ತನ್ನ ಬದು ಇಲ್ಲಿದೆ ಎಂದು ಆಣೆ ಮಾಡಿ ಹೇಳಿದರೂ, ಅಳತೆಯ ಸರಪಳಿ ಒಪ್ಪಿದರೆ ಮಾತ್ರ ತಲೆ ಆಡಿಸುತ್ತಿದ್ದರು. ಇಂಥವರು ಈ ವಯಸ್ಸಿನಲ್ಲಿ ಪೇಟಿ ಕಲಿಯಲು ಕೂತರೆ ಮನೆಯವರ ಗತಿ ಏನಾಗಬೇಕು?

ಪೇಟಿ ಎಂದರೆ ಹಾರ್ಮೋನಿಯಂ. ಅದರ ಹುಚ್ಚು ಹಿಡಿಯಲು ಕಾರಣ ಸಂಗೀತವಲ್ಲ, ಹೊಟ್ಟೆಕಿಚ್ಚು. ಅವರ ಹೆಂಡತಿ ಭಾಗವ್ವ ಬನಹಟ್ಟಿಯ ಮಠದಲ್ಲಿ ಪ್ರತಿ ಸೋಮವಾರ ಭಜನೆ ಹಾಡುತ್ತಿದ್ದರು. ಪಕ್ಕದಲ್ಲಿ ಪೇಟಿ ಹಿಡಿದು ಅಮಸಿದ್ದಪ್ಪ ಕೂರುತ್ತಿದ್ದ. ಪದ ಮುಗಿದೊಡನೆ ಇಬ್ಬರೂ ಒಬ್ಬರನ್ನೊಬ್ಬರು ನೋಡಿ, ಕೆಲಸ ಚೆನ್ನಾಗಿ ಆಯಿತು ಎಂಬಂತೆ ನಗುತ್ತಿದ್ದರು. ಚನಮಲ್ಲಪ್ಪನವರು ಮಾತ್ರ ಬಾಗಿಲ ಬಳಿ, ಎಲ್ಲರ ಚಪ್ಪಲಿಗಳ ಸಂಗಡ. ಆ ನಗು ತಮಗೆ ಒಂದು ಸಲವಾದರೂ ಸಿಗಬೇಕೆಂದು ಅವರ ಜೀವ ಒದ್ದಾಡುತ್ತಿತ್ತು.

ಶ್ರಾವಣದ ಕೊನೆಯ ಸೋಮವಾರ ಅಮಸಿದ್ದಪ್ಪ ಮಗಳ ಊರು ಸಾವಳಗಿಗೆ ಹೋಗುವವನಿದ್ದ. "ನಾ ಬಾರಸ್ತೀನಿ," ಎಂದರು ಚನಮಲ್ಲಪ್ಪ. ಭಾಗವ್ವ ಒಲೆಯ ಮುಂದಿನಿಂದಲೇ ಹೇಳಿದರು: "ರವಿವಾರದೊಳಗ ಒಂದ ಪದ ನನ್ನ ಕೂಡ ಹೊಂದಿಸಿ ಬಾರಸ್ರಿ. ಇಲ್ಲಾಂದ್ರ ರಬಕವಿ ಪೇಟಿ ಅಂದಾನೆಪ್ಪನ್ನ ಕರೀತೀನಿ. ಮಠದಾಗ ನನ್ನ ಮಾನ ಕಳೀಬ್ಯಾಡ್ರಿ."

ರಬಕವಿಯಲ್ಲೇ ಒಂದು ಹಳೆಯ ಪೇಟಿ ಸಿಕ್ಕಿತು. ಮುಧೋಳದ ಹಾಸ್ಟೆಲಿನಲ್ಲಿದ್ದು ಕಾಲೇಜಿಗೆ ಹೋಗುವ, ಜೊತೆಗೆ ಗಿಟಾರು ಕಲಿಯುವ ಮಗಳು ಅಕ್ಷತಾ ರಜೆಗೆ ಬಂದಾಗ ಅಪ್ಪನ ಫೋನಿಗೆ ಎರಡು ಆ್ಯಪ್ ಹಾಕಿಕೊಟ್ಟು ಹೋದಳು. ಒಂದು ಮೆಟ್ರೋನೋಮು, ಲಯ ತಪ್ಪದಂತೆ ಟಕ್ ಟಕ್ ಎನ್ನುವುದು. ಇನ್ನೊಂದು ಟ್ಯೂನರು, ಸುರ ಯಾವುದು, ಎಷ್ಟು ಮೇಲೆ, ಎಷ್ಟು ಕೆಳಗೆ ಎಂದು ಸೆಂಟ್ ಎಂಬ ಅಳತೆಯಲ್ಲಿ ಮುಳ್ಳಿನಿಂದ ತೋರಿಸುವುದು. ಮುಳ್ಳು ಕಂಡದ್ದೇ ಚನಮಲ್ಲಪ್ಪನವರ ಮುಖ ಅರಳಿತು. ಸಂಗೀತವನ್ನೂ ಅಳೆಯಬಹುದೆಂದು ಇಷ್ಟು ವರ್ಷ ಯಾರೂ ಅವರಿಗೆ ಹೇಳಿರಲಿಲ್ಲ!

ಮೊದಲು ಮೆಟ್ರೋನೋಮು. ಹೊಸಬರು ನಿಧಾನವಾಗಿ ಕಲಿಯಬೇಕೆಂದು ಮಗಳು ನಿಮಿಷಕ್ಕೆ ಅರವತ್ತು ಏಟು ಇಟ್ಟಿದ್ದಳು. ಪಕ್ಕದ ಮನೆಯ ಧರೆಪ್ಪನ ಕರೆಂಟು ಮಗ್ಗಗಳ ಸದ್ದಿನಲ್ಲಿ ಅದು ಕೇಳದೆ, ದನಿ ಪೂರ್ತಿ ಏರಿಸಿ ಫೋನನ್ನು ಅಡುಗೆಮನೆಯ ಕಿಟಕಿಯಲ್ಲಿಟ್ಟರು. ಒಳಗೆ ರೊಟ್ಟಿ ಬಡಿಯುತ್ತಿದ್ದ ಭಾಗವ್ವನ ಕೈ ತನಗರಿವಿಲ್ಲದೆ ಆ ಟಕ್ಕಿಗೆ ಹೊಂದಿಕೊಂಡಿತು. ಟಕ್, ಒಂದು ಏಟು. ಟಕ್, ಮತ್ತೊಂದು ಏಟು. ಹಿಟ್ಟು ಒಣಗಿ ಅಂಚು ಬಿರಿಯಿತು, ರೊಟ್ಟಿ ಅಂಗೈ ದಪ್ಪ ಆಯಿತು.

"ನಿಮ್ಮ ಟಕ್ ಟಕ್ಕಿಗೆ ಬೆಂಕಿ ಹಚ್ಚಲಿ! ನನ್ನ ಕೈಗೇನ ಲಕ್ವಾ ಹೊಡದೈತೋ ಅಂತ ಅಂಜಿದ್ನಿ!" ಎಂದು ಭಾಗವ್ವ ಆ ರೊಟ್ಟಿ ಹಿಡಿದೇ ಹೊರಗೆ ಬಂದರು. ಆ ದಿನ ಇಬ್ಬರೂ ಅದನ್ನು ಸಾರಿನಲ್ಲಿ ನೆನೆಸಿ ತಿಂದರು.

ನಂತರ ಟ್ಯೂನರು. ತೆರೆದೊಡನೆ, ಯಾರೂ ಹಾಡದಿದ್ದರೂ, ಅದು 'ಜಿ' ಎಂಬ ಇಂಗ್ಲಿಷ್ ಸುರದ ಹೆಸರು ತೋರಿಸಿ ಮುಳ್ಳನ್ನು ಬಲಕ್ಕೆ ಎಳೆದುಕೊಂಡು ನಿಂತಿತು. ಚನಮಲ್ಲಪ್ಪ ಉಸಿರು ಬಿಗಿಹಿಡಿದರು, ಆಗಲೂ ಜಿ. ಮನೆಯ ಗೋಡೆಯೇ ಹಾಡುತ್ತಿದೆಯೇ ಎಂದು ಗಾಬರಿಯಾಗುವಷ್ಟರಲ್ಲಿ ಕರೆಂಟು ಹೋಯಿತು. ಧರೆಪ್ಪನ ಮಗ್ಗಗಳು ನಿಂತವು, ಜಿ ಕೂಡ ಮಾಯವಾಯಿತು. ಫೋನು ಇಷ್ಟು ಹೊತ್ತು ಮಗ್ಗದ ಮೋಟಾರಿನ ಗುಂಯ್ ಸದ್ದನ್ನು ಅಳೆಯುತ್ತಿತ್ತು. ಯಂತ್ರ ಎಷ್ಟು ಸೂಕ್ಷ್ಮ ನೋಡು ಎಂದು ಅವರ ಭಕ್ತಿ ಇನ್ನೂ ಹೆಚ್ಚಾಯಿತು.

ಹೀಗೆ ಭಕ್ತಿ ಹೆಚ್ಚಾದಾಗಲೇ ಮನುಷ್ಯ ಮೂರ್ಖನಾಗುವುದು. ಮಗ್ಗ ನಿಂತಿದ್ದಾಗಲೇ ಅವರು ಭಾಗವ್ವನನ್ನು ಕರೆದು ಕೂರಿಸಿದರು. ಭಾಗವ್ವನ ಸಾ ಎಂದರೆ ಪೇಟಿಯ ಕರಿ ಐದು, ಅಂದರೆ ಐದನೆಯ ಕಪ್ಪು ಮನೆ, ಬೆರಳೊತ್ತುವ ಪಟ್ಟಿ. ಅದನ್ನು ಒತ್ತಿ ಸುರ ಕೊಟ್ಟು, ಗಾಳಿ ಹಾಕುವುದನ್ನು ನಿಲ್ಲಿಸಿ, ಫೋನನ್ನು ಹೆಂಡತಿಯ ಬಾಯಿಯ ಹತ್ತಿರ ಹಿಡಿದರು. ಭಾಗವ್ವ ಕಣ್ಣು ಮುಚ್ಚಿ ಸಾ ಹಿಡಿದರು. ಮುಳ್ಳು ನಡುವೆ ನಿಲ್ಲದೆ ಎಡಕ್ಕೆ ವಾಲಿತು. ಇನ್ನೊಮ್ಮೆ ಹಿಡಿಸಿದರೂ ಅಲ್ಲೇ.

"ಏ ಶಾರ್ಪ್!" ಎಂದರು ಚನಮಲ್ಲಪ್ಪ.

"ಯಾರಿಗ್ರಿ 'ಏ' ಅನ್ನಾಕತ್ತೀರಿ?"

"ನಿನಗಲ್ಲ ಬೇ, ಸುರದ ಹೆಸರದು. ಆದ್ರ ನಿಂದು ಮೂವತ್ತು ಸೆಂಟ್ ಕೆಳಗೈತಿ. ಇಷ್ಟ ದಿನ ಮಠದಾಗ ಬೇಸುರ ಹಾಡೀದಿ ನೋಡು. ಅಮಸಿದ್ದಪ್ಪ ಹೇಳಲಿಲ್ಲೇನ?"

ಕೊನೆಯ ಮಾತು ಬೇಕಿರಲಿಲ್ಲ. ಅದು ಹೊಟ್ಟೆಕಿಚ್ಚು ಆಡಿದ ಮಾತೆಂದು ಆಡಿದ ಕ್ಷಣವೇ ಅವರಿಗೂ ಗೊತ್ತಾಯಿತು. ಭಾಗವ್ವ ಸೆರಗು ಸರಿಮಾಡಿಕೊಂಡು ಎದ್ದು ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ಅಡುಗೆಮನೆಯಿಂದ ಫೋನಿನ ಮಾತು ಕೇಳಿಸಿತು: "ಅಂದಾನೆಪ್ಪಣ್ಣಾರ, ಸೋಮವಾರ ಪುರುಸೊತ್ತ ಐತೇನ್ರಿ?" ಆಮೇಲೆ ಮನೆಯಲ್ಲಿ ಗುನುಗುವುದೂ ನಿಂತಿತು. ಹಾಡದ ಭಾಗವ್ವನನ್ನು ಚನಮಲ್ಲಪ್ಪ ಮದುವೆಯಾದಾಗಿನಿಂದ ನೋಡಿರಲಿಲ್ಲ.

ಮರುದಿನ ಮಗ್ಗಕ್ಕೆ ವಾರದ ರಜೆ. ಮಾಡಲು ಬೇರೆ ಏನೂ ತೋಚದೆ ಒಬ್ಬರೇ ಕೂತು ಪೇಟಿಯ ಮನೆಗಳನ್ನು ಒಂದೊಂದಾಗಿ ಒತ್ತಿ ಫೋನಿಗೆ ಕೇಳಿಸಿದರು. ಬಿಳಿ ಒಂದು, ಮುಳ್ಳು ಎಡಕ್ಕೆ. ಕರಿ ಎರಡು, ಎಡಕ್ಕೆ. ಕರಿ ಐದು, ಭಾಗವ್ವ ನಿಲ್ಲಿಸಿದ ಜಾಗಕ್ಕೇ ಮುಳ್ಳು ಬಂದು ನಿಂತಿತು. ಕೂದಲೆಳೆಯಷ್ಟೂ ಹೆಚ್ಚು ಕಡಿಮೆ ಇಲ್ಲ. ಅವರು ಅಕ್ಷತಾಗೆ ಫೋನ್ ಮಾಡಿದರು.

"ಎಲ್ಲಾ ಮನಿ ಒಂದ ಅಳತಿ ಕೆಳಗ ಬಂದ್ರ ಪೇಟೀದ ಸುರಾನ ಇಳಿಸಿ ಕೂಡ್ಸ್ಯಾರ ಅಂತ ಅರ್ಥ ಅಪ್ಪಾ," ಎಂದಳು ಮಗಳು. "ಆ್ಯಪಿಗೆ 'ಏ' ಅಂದ್ರ ಸೆಕೆಂಡಿಗೆ ನಾಲ್ಕನೂರಾ ನಲವತ್ತು ಕಂಪನ. ಅದರಿಂದನ ಎಲ್ಲಾ ಸುರ ಎಣಸ್ತೈತಿ. ಸೆಟಿಂಗಿನ್ಯಾಗ ಅದನ್ನ ನಾಲ್ಕನೂರಾ ಮೂವತ್ತೆರಡಕ್ಕ ಇಳಿಸಿ ನೋಡ್ರಿ. ಹಳೇ ಪೇಟಿ ಹಂಗ ಇರ್ತಾವು. ಅವ್ವ ಏನ ಅಂದ್ಳು?"

ಅವ್ವ ಏನೂ ಅಂದಿರಲಿಲ್ಲ, ಅದೇ ತಾನೇ ಕಷ್ಟ. ಅಂಕಿ ಇಳಿಸಿ ಕರಿ ಐದು ಒತ್ತಿದರು. ಮುಳ್ಳು ನಡುವೆ ಬಂದು ಹಸಿರಾಯಿತು. ಚನಮಲ್ಲಪ್ಪ ಹಣೆ ಬಡಿದುಕೊಂಡರು. ಸರಪಳಿ ಎಷ್ಟೇ ನಿಖರವಿದ್ದರೂ ಅಳತೆ ಶುರುಮಾಡುವ ಮೊದಲ ಕಲ್ಲು ಯಾವುದೆಂದು ನೋಡದೆ ಹೊಲ ಅಳೆಯಬಾರದೆಂದು ಹೊಸ ಸರ್ವೆಯರುಗಳಿಗೆ ಪಾಠ ಹೇಳಿದವರು ಅವರೇ. ಸ್ವಂತ ಹೆಂಡತಿಯನ್ನು ಅಳೆಯುವಾಗ ಮಾತ್ರ ಕಲ್ಲು ಮರೆತರು.

ಅಡುಗೆಮನೆಯ ಹೊಸ್ತಿಲಲ್ಲಿ ನಿಂತು ಹೇಳಿದರು: "ತಪ್ಪಾತ ಬೇ. ನೀ ಬೇಸುರ ಹಾಡಿರಲಿಲ್ಲ. ಪೇಟಿನ ಕೆಳಗಿತ್ತು. ನಾ ಅಳತಿ ತಪ್ಪಿದ್ನಿ. ಅಮಸಿದ್ದಪ್ಪಂದೂ ಸುಮ್ಮನ ಆಡಿದ್ನಿ."

ಭಾಗವ್ವ ತಿರುಗಲಿಲ್ಲ. "ಪೇಟಿ ಕೆಳಗೈತಿ ಅಂತ ಬಂದ ದಿನಾನ ಗೊತ್ತಾಗಿತ್ತು ನನಗ."

"ಹೇಳಬಾರದಿತ್ತೇನ?"

"ಹೇಳಿ ಏನ ಮಾಡೂದೈತಿ? ಎದುರಿಗಿದ್ದದ್ದು ಎಷ್ಟ ಕೆಳಗಿದ್ರೂ ಅದಕ್ಕ ಹೊಂದಿಸಿಕೊಂಡ ಹಾಡೂದು ಮದುವಿ ಆದಾಗಿಂದ ರೂಢಿ ಐತಿ."

ಭಾಗವ್ವ ಹಿಟ್ಟು ತೆಗೆದುಕೊಂಡು ರೊಟ್ಟಿ ಬಡಿಯತೊಡಗಿದರು, ತಮ್ಮದೇ ಓಟದಲ್ಲಿ, ಪಟಪಟ ಎಂದು. ಚನಮಲ್ಲಪ್ಪ ಮೆಟ್ರೋನೋಮು ತೆರೆದರು. ನಾವು ಬೆರಳಿನಿಂದ ತಟ್ಟಿದರೆ ಆ ತಟ್ಟಿನ ವೇಗವನ್ನೇ ಹಿಡಿದುಕೊಳ್ಳುವ ಗುಂಡಿಯೊಂದು ಅದರಲ್ಲಿತ್ತು. ಹೆಂಡತಿಯ ಕೈ ನೋಡುತ್ತ, ಎರಡು ಏಟಿಗೆ ಒಮ್ಮೆಯಂತೆ ತಟ್ಟಿದರು. ಟಕ್ ಟಕ್ ಶುರುವಾಯಿತು. ಈ ಸಲ ಅದು ರೊಟ್ಟಿಯ ಹಿಂದೆ ನಡೆಯಿತು. ಭಾಗವ್ವ ಒಂದು ಕ್ಷಣ ಕೈ ನಿಲ್ಲಿಸಿ ಕಿವಿಗೊಟ್ಟರು, ಮತ್ತೆ ಬಡಿದರು.

"ಪೇಟಿ ಇಲ್ಲೇ ತರ್ರಿ," ಎಂದರು. "ರೊಟ್ಟಿ ಆಗೂದರೊಳಗ ಒಂದ ಪದ ನೋಡೂಣು."

ಬೆರಳುಗಳು ತಡವರಿಸಿದವು, ಎರಡು ಕಡೆ ತಪ್ಪು ಮನೆ ಒತ್ತಿದರು, ಆದರೂ ಪದ ಕೊನೆ ಮುಟ್ಟಿತು. ಭಾಗವ್ವ ಹಿಟ್ಟಿನ ಕೈಯಲ್ಲೇ ತಿರುಗಿ ಗಂಡನನ್ನು ನೋಡಿ ನಕ್ಕರು. ಅದೇ ನಗು.

"ಅಂದಾನೆಪ್ಪಗ ಬ್ಯಾಡ ಅಂತ ಹೇಳ್ಲೇನ?" ಎಂದರು ಚನಮಲ್ಲಪ್ಪ, ಉಬ್ಬಿಹೋಗಿ.

"ಬರಲಿ ಬಿಡ್ರಿ," ಎಂದರು ಭಾಗವ್ವ. "ಚಪ್ಪಲಿ ಕಾಯಾಕ ಒಬ್ಬರು ಬೇಕಲ್ಲ."